ಬಾವಿಯಿಂದ ಎಣಿಸಿದ ಮನೆಗಳು

ಕಾಡುಗೋಡಿಯ ಆ ವಠಾರದಲ್ಲಿ ಎದುರುಬದುರು ಇಲ್ಲದೆ ಒಂದೇ ಸಾಲಿನಲ್ಲಿ ಎಂಟು ಮನೆಗಳಿದ್ದವು. ರಸ್ತೆ ಕಡೆ ಗೇಟು, ಹಿಂದುಗಡೆ ಬಟ್ಟೆ ಒಗೆಯುವ ಕಲ್ಲು. ಕಟ್ಟಿಸಿದವರು ನಲ್ಲಪ್ಪನವರು. ಅವರು ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಅದರದೂ ಅವರ ಉಳಿದ ಆಸ್ತಿಗಳದೂ ಕಾಗದಪತ್ರಗಳೆಲ್ಲ ಸೊಸೆ ಮಹಾಲಕ್ಷ್ಮಿಯ ಪಾಲಿಗೆ ಬಂದವು.

ಯಾರೂ ಕೊಟ್ಟಿದ್ದಲ್ಲ, ತಾನಾಗಿ ಬಂದದ್ದು. ಮದುವೆಯಾದಾಗಿನಿಂದ ಅವಳು ಗಂಡ ಅಂಜನ್ ಜೊತೆ ಬೊಮ್ಮಸಂದ್ರದಲ್ಲೇ ಇದ್ದಳು. ಅವನಿಗೆ ಅಲ್ಲಿ ಔಷಧಿ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮಾವ ಹೋದಮೇಲೆ ಅತ್ತೆ ರಾಮಕ್ಕನ ಜೊತೆಗಿರಲು ಕೂಸನ್ನು ಎತ್ತಿಕೊಂಡು ಕಾಡುಗೋಡಿಗೆ ಬಂದಳು. ಬಂದ ತಿಂಗಳಲ್ಲೇ ಇ-ಖಾತಾ ಮಾಡಿಸಲು ಕ್ರಯಪತ್ರ, ಕಂದಾಯದ ರಸೀದಿ ಬೇಕಾದವು. ತಗಡಿನ ಟ್ರಂಕು ತೆರೆದರೆ ಕುಂದಲಹಳ್ಳಿ ಅಂಗಡಿಯ ಕರಾರು ಬೊಮ್ಮಸಂದ್ರದ ಮನೆಯ ನೀರಿನ ಬಿಲ್ಲಿನೊಳಗೆ, ಕ್ರಯಪತ್ರ ಹಳೇ ಪಂಚಾಂಗದೊಳಗೆ. ಹುಡುಕುವುದಕ್ಕೇ ಮೂರು ವಾರ ಹಿಡಿಯಿತು. ಆವತ್ತು ಅವಳು ತನ್ನ ಡೈರಿಯಲ್ಲಿ ಬರೆದುಕೊಂಡಳು: ‘ಇನ್ನೊಂದು ಸಲ ಹೀಗಾಗಬಾರದು.’

ಕೂಸು ಮಲಗಿದಾಗಲೆಲ್ಲ ಒಂದೊಂದೇ ಕಾಗದವನ್ನು ಕಿಟಕಿ ಬೆಳಕಿಗೆ ಹಾಸಿ ಫೋನಿನಲ್ಲಿ ಸ್ಕ್ಯಾನ್ ಮಾಡಿದಳು. ಛಾಪಾಕಾಗದದ ಹಿಂಬದಿ ಬಿಡದೆ, ಅಂಚು ಕತ್ತರಿಸದೆ, ಸಹಿ ಮಸುಕಾದರೆ ಮತ್ತೊಮ್ಮೆ. ಕಂಪ್ಯೂಟರಿನ ಡ್ರೈವಿನಲ್ಲಿ ಆಸ್ತಿಗೊಂದು ಫೋಲ್ಡರ್: ಕಾಡುಗೋಡಿ ವಠಾರ, ಕುಂದಲಹಳ್ಳಿ ಅಂಗಡಿ, ಬೊಮ್ಮಸಂದ್ರ ಮನೆ. ವಠಾರದೊಳಗೆ ಮನೆಗೊಂದರಂತೆ ಮತ್ತೆ ಎಂಟು. ಒಂದೊಂದು ಫೈಲಿನ ಹೆಸರಲ್ಲೂ ಮೊದಲು ತಾರೀಕು, ಆಮೇಲೆ ಜಾಗ, ಆಮೇಲೆ ಏನು, ಕೊನೆಗೆ ಯಾರದು. ವರ್ಷ ಮುಂದಿಟ್ಟು ತಾರೀಕು ಬರೆದರೆ ಹಳೆಯದರಿಂದ ಹೊಸದಕ್ಕೆ ತಾವಾಗಿ ಸಾಲು ನಿಲ್ಲುತ್ತವೆ. ಅಂಜನ್‌ಗೂ ಅದನ್ನು ಶೇರ್ ಮಾಡಿದಳು.

“ಏನ್ ಗುರು ನೀನು, ನಮ್ಮ ಕ್ವಾಲಿಟಿ ಚೆಕ್‌ನವರೂ ಇಷ್ಟು ನೀಟಾಗಿ ಇಡಲ್ಲ,” ಅಂತ ಅವನು ಫೋನಿನಲ್ಲಿ ರೇಗಿಸಿದ. “ನನ್ನೂ ಸ್ಕ್ಯಾನ್ ಮಾಡಿ ಒಂದು ಫೋಲ್ಡರಿಗೆ ಹಾಕ್ಬಿಡು.”

“ನಿಂದು ಹಾಕಿದೀನಿ. ಬಾಕಿ ಕೆಲಸ ಅಂತ ಹೆಸರು.”

ನಲ್ಲಪ್ಪನವರ ಹಳೇ ಫೋನಿನಲ್ಲಿ ಫೋಟೋಗಳೂ ಇದ್ದವು. ಫೋನು ಕೊಂಡಾಗಿನಿಂದ ಅವರಿಗೊಂದು ಪದ್ಧತಿ. ಹೊಸಬರು ಬಾಡಿಗೆಗೆ ಬಂದ ದಿನ ಬಾಗಿಲ ಮುಂದೆ ಮನೆಮಂದಿಯನ್ನೆಲ್ಲ ನಿಲ್ಲಿಸಿ, ಕೈಗೆ ಬೀಗದಕೈ ಹಿಡಿಸಿ, ಒಂದು ಫೋಟೋ. ಫೈಲಿಗೆ ಹೆಸರಿಲ್ಲ, ಬರೀ ಅಂಕಿಗಳು. ಮಹಾಲಕ್ಷ್ಮಿ ಅವನ್ನೂ ಡ್ರೈವಿಗೆ ಏರಿಸಿ, ಬಾಗಿಲ ಮೇಲೆ ಕಾಣುವ ನಂಬರು ನೋಡಿ ಆಯಾ ಮನೆಯ ಫೋಲ್ಡರಿಗೆ ಹಾಕಿದಳು. ಫೋಟೋದ ತಾರೀಕು ಆ ಮನೆಯ ಯಾವುದೋ ಕರಾರಿನ ತಾರೀಕಿಗೆ ಹತ್ತಿರ ಬಂದರೆ ತಾಳೆ ಬಿತ್ತೆಂದು ಇಟ್ಟುಕೊಂಡಳು. ಹನ್ನೊಂದು ತಾಳೆ ಬೀಳಲಿಲ್ಲ. ಏಳನೇ ಮನೆಯದನ್ನೇ ನೋಡಿ: ಕರಾರಿನ ಪ್ರಕಾರ ಅಲ್ಲಿ ಎಂಟು ವರ್ಷದಿಂದ ಅಮರಪ್ಪನೇ ಇದ್ದಾನೆ, ಫೋಟೋದಲ್ಲಿ ಯಾರೋ ಗಂಡಹೆಂಡತಿ ಮಗು. ಯಾರೋ ನೆಂಟರಿರಬೇಕು ಅಂದುಕೊಂಡಳು. ಅಳಿಸಿದಳು. ಹಳೇ ಫೋನು ಆಮೇಲೆ ಎಕ್ಸ್‌ಚೇಂಜಿಗೆ ಹೋಯಿತು.

ಒಂದು ಮಧ್ಯಾಹ್ನ ಗೇಟಿನ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ಕೈಹಿಡಿದುಕೊಂಡು ಐದು ವರ್ಷದ ಹುಡುಗಿ. ರಾಮಕ್ಕ ನೋಡಿದವರೇ ಸೊಪ್ಪು ಬಿಡಿಸುವುದನ್ನು ಬಿಟ್ಟು ಎದ್ದರು.

“ದಾನೇಶ್ವರಿ! ಎಷ್ಟು ವರ್ಷ ಆಯ್ತೇ! ಇದು ಶಾಂಭವಿನಾ? ಇಂಗೆ ಬೆಳೆದ್ಬಿಟ್ಟವ್ಳಲ್ಲ!”

ಲಿಂಗಸೂಗೂರು ಕಡೆಯವಳು. ಗಂಡ ಬಸಲಿಂಗ ಗಾರೆ ಕೆಲಸದವನು. ನಾಲ್ಕು ವರ್ಷದ ಹಿಂದೆ ಸಾರುವೆ ಮುರಿದು ಮೇಲಿನಿಂದ ಬಿದ್ದು ತೀರಿಕೊಂಡ. ಅವಳು ಮಗುವನ್ನು ಕಟ್ಟಿಕೊಂಡು ಊರಿಗೆ ಹೋಗಿದ್ದಳು. ಈಗ ಕೆಲಸಕ್ಕೆಂದು ಮತ್ತೆ ಬಂದು, ಕಾಡುಗೋಡಿಯಲ್ಲೇ ಅಕ್ಕನ ಖೋಲಿಯಲ್ಲಿದ್ದಾಳೆ. ಕೂತು, ನೀರು ಕುಡಿದು, ನಲ್ಲಪ್ಪನವರು ಇಲ್ಲವೆಂದು ತಿಳಿದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಹಳ ಹೊತ್ತಾದ ಮೇಲೆ ಬಂದ ಕೆಲಸ ಹೇಳಿದಳು.

“ಅಮ್ಮಾರ, ನಾವು ಬಂದ ದಿನ ಯಜಮಾನ್ರು ಒಂದು ಫೋಟೋ ಹೊಡದಿದ್ರಲ್ರೀ. ಇಕಿನ್ನ ಇವರಪ್ಪ ಎತ್ಕೊಂಡು ನಿಂತಿದ್ದ. ಅವನ ಫೋನು ಅವನ ಜೋಡಿನ ಬಿದ್ದು ಪುಡಿ ಆತು. ಮದುವಿ ಫೋಟೋದಾಗ ಅದಾನ್ರೀ, ಖರೆ. ಆದ್ರ ಇಕಿನ್ನ ಎತ್ಕೊಂಡಿದ್ದು ಅದೊಂದ. ‘ನಮ್ಮಪ್ಪ ನನ್ನ ನೋಡ್ಯಾನೇನು?’ ಅಂತ ದಿನಾ ಕೇಳ್ತಾಳ್ರೀ. ನೋಡ್ಯಾನ ಅಂತೀನಿ. ನಂಬಂಗಿಲ್ಲ.”

ಮಹಾಲಕ್ಷ್ಮಿಗೆ ಉತ್ಸಾಹವೇ ಬಂತು. ಇಷ್ಟು ದಿನದ ಕಷ್ಟಕ್ಕೆ ಫಲ ಸಿಗುವ ಹೊತ್ತು ಇದೇ ಅನ್ನಿಸಿತು. “ಒಂದೇ ನಿಮಿಷ ಅಕ್ಕ. ಎಲ್ಲ ಜೋಡಿಸಿಟ್ಟಿದೀನಿ. ಎಷ್ಟನೇ ಮನೆ ನಿಮ್ದು?”

“ಎರಡ್ನೇ ನಂಬರ್ರೀ.”

ಲ್ಯಾಪ್‌ಟಾಪಿನಲ್ಲಿ ಎರಡನೇ ಮನೆ ತೆರೆದಳು. ಕರಾರು ಅಲ್ಲೇ ಇತ್ತು, ಬಸಲಿಂಗನ ಓರೆಕೋರೆ ಸಹಿ ಸಮೇತ. ಅದರ ಕೆಳಗೆ ಕರೆಂಟ್ ಬಿಲ್ಲುಗಳು ತಿಂಗಳವಾರು. ಫೋಟೋ ಇರಲಿಲ್ಲ.

“ಬಾಗಿಲು ಯಾವ್ದು ತೋರಿಸ್ತೀರಾ?”

ದಾನೇಶ್ವರಿ ಎದ್ದಳು. ಗೇಟಿನ ಕಡೆಯಿಂದ ಎರಡನೇ ಬಾಗಿಲಲ್ಲಿ ನಿಲ್ಲುತ್ತಾಳೆಂದು ಮಹಾಲಕ್ಷ್ಮಿ ನಿಂತಳು. ಅವಳು ನಿಲ್ಲಲಿಲ್ಲ. ಒಂದೊಂದೇ ಬಾಗಿಲು ದಾಟಿ, ಹಿಂದಿನ ಒಗೆಯುವ ಕಲ್ಲಿಗೆ ಒಂದು ಮನೆ ಈಚೆಗೆ ನಿಂತು, ಹೊಸ್ತಿಲು ಮುಟ್ಟಿದಳು. ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ‘7’ ಅಂತ ಬರೆದಿತ್ತು.

“ಅತ್ತೆ, ಇದು ಏಳಲ್ವಾ?”

“ಅದು ಮೀಟರಿನೋರು ಬರೆದಿದ್ದು ಕಣಮ್ಮ, ರಸ್ತೆ ಕಡೆಯಿಂದ,” ಅಂದರು ರಾಮಕ್ಕ. “ನಿಮ್ಮಾವ ಎಣಿಸ್ತಿದ್ದದ್ದು ಬಾವಿ ಕಡೆಯಿಂದ. ಈ ಒಗೆಯೋ ಕಲ್ಲು ಐತಲ್ಲ, ಅಲ್ಲೇ ಬಾವಿ ಇದ್ದಿದ್ದು. ನೀರು ಸೇದೋ ಮನೆಯೇ ಮೊದಲ್ನೇದು ಅಂತ ಅವ್ರ ಲೆಕ್ಕ. ಬಾವಿ ಮುಚ್ಚಿದ್ಮೇಲೂ ಕರಾರಿನಾಗೆ ಅಂಗೇ ಬರೀತಿದ್ರು.”

ಮಹಾಲಕ್ಷ್ಮಿ ಒಗೆಯುವ ಕಲ್ಲಿನ ಕಡೆಯಿಂದ ಬಾಗಿಲುಗಳನ್ನು ಎಣಿಸಿದಳು. ಕರಾರುಗಳು ಬಾವಿಯಿಂದ, ಬಿಲ್ಲುಗಳು ರಸ್ತೆಯಿಂದ. ಬಿಲ್ಲುಗಳೆಲ್ಲ ಮಾವನ ಹೆಸರಿನಲ್ಲೇ ಬರುವುದರಿಂದ ತಪ್ಪು ಕಣ್ಣಿಗೆ ಬೀಳಲಿಲ್ಲ. ಇಷ್ಟು ತಿಂಗಳು ಅವಳು ಒಬ್ಬರ ಮನೆಯ ಕಾಗದ, ಇನ್ನೊಬ್ಬರ ಮನೆಯ ದೀಪ ಒಂದೇ ಕಡೆ ಜೋಡಿಸಿಟ್ಟಿದ್ದಳು. ಏಳನೇ ಬಾಗಿಲ ಮುಂದೆ ನಿಂತ ಗಂಡಹೆಂಡತಿ ಮಗು ನೆಂಟರಲ್ಲ. ಅವಳೇ ಕೈಯಾರೆ ಅಳಿಸಿದ್ದಳು.

“ಸಿಗಲಿಲ್ಲೇನ್ರಿ ಅಕ್ಕಾರ?” ದಾನೇಶ್ವರಿಯ ದನಿ ಮೆತ್ತಗಾಯಿತು. “ಇರ್ಲಿ ಬಿಡ್ರಿ. ಕೇಳಬೇಕಂತ ಕೇಳಿದೆ.”

ಆ ‘ಇರ್ಲಿ ಬಿಡ್ರಿ’ಯನ್ನು ಮಹಾಲಕ್ಷ್ಮಿಗೆ ಕೇಳಲಾಗಲಿಲ್ಲ. ತನ್ನ ಸೊಂಟದ ಮೇಲೆ ಕೂತ ಕೂಸು ಆಗ ಅವಳ ಸರ ಎಳೆಯುತ್ತಿತ್ತು. ಇದರಪ್ಪನ ಫೋಟೋ ಫೋನಿನಲ್ಲಿ ಸಾವಿರವಿದೆ.

“ಅಕ್ಕ, ಸುಳ್ಳು ಹೇಳಲ್ಲ. ನಾನೇ ಅಳಿಸಿದೀನಿ, ಯಾರದೋ ಅಂತ. ಅಳಿಸಿದ್ದು ಮೂವತ್ತು ದಿನ ಕಂಪ್ಯೂಟರಿನ ಕಸದಬುಟ್ಟಿಯಲ್ಲಿರುತ್ತೆ. ಅದಾದ್ಮೇಲೆ ಇರಲ್ಲ. ನೋಡ್ತೀನಿ.”

ಯಾವತ್ತು ಅಳಿಸಿದ್ದು? ಡೈರಿ ತಂದು ಹಿಂದಕ್ಕೆ ತಿರುವಿದಳು. ಅಂಗಡಿ ಶೆಟರ್ ರಿಪೇರಿ, ಗ್ಯಾಸ್ ಬಂತು, ಪಾಪುಗೆ ಇಂಜೆಕ್ಷನ್. ಅದರ ಕೆಳಗೇ ತನ್ನದೇ ಅಚ್ಚುಕಟ್ಟಾದ ಅಕ್ಷರ: ‘ಬೇಡದ ಹನ್ನೊಂದು ಫೋಟೋ ತೆಗೆದೆ.’ ಬೆರಳು ಮಡಿಚಿ ಎಣಿಸಿದಳು. ಇಪ್ಪತ್ತೇಳು ದಿನ.

ಆದರೂ ಎದೆ ಹಗುರಾಗಲಿಲ್ಲ. ಜಾಗ ತುಂಬಿದೆ, ಬುಟ್ಟಿ ಖಾಲಿ ಮಾಡು ಅಂತ ಅಂಜನ್ ಆ ವಾರವೇ ಹೇಳಿದ್ದ. ಮಾಡಿದ್ದಳೋ ಇಲ್ಲವೋ? ಡೈರಿಯ ಮರುದಿನದ ಪುಟದಲ್ಲಿ ‘ಪಾಪುಗೆ ಜ್ವರ’ ಅಂತ ಮಾತ್ರ ಇತ್ತು. ಅದರ ಮರುದಿನ ಏನೂ ಬರೆದಿರಲಿಲ್ಲ.

ಬುಟ್ಟಿ ತೆರೆದಳು. ಖಾಲಿ ಮಾಡಿರಲಿಲ್ಲ. ಜ್ವರದ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಎರಡು ದಿನ ಓಡಾಡಿದ್ದರಲ್ಲಿ ಮರೆತೇಹೋಗಿತ್ತು.

ಹನ್ನೊಂದೂ ಇದ್ದವು. ಆರನೆಯದನ್ನು ಮರಳಿ ತಂದು ತೆರೆದಳು. ನೀಲಿ ಏಳರ ಕೆಳಗೆ ದಾನೇಶ್ವರಿ, ತುಂಬು ಕೆನ್ನೆ, ಕೈಯಲ್ಲಿ ಬೀಗದಕೈ. ಪಕ್ಕದಲ್ಲಿ ಸಿಮೆಂಟಿನ ಕಲೆಯ ಅಂಗಿಯ ಬಸಲಿಂಗ. ಎಲ್ಲರೂ ಕ್ಯಾಮೆರಾ ನೋಡಬೇಕಾದ ಹೊತ್ತಿನಲ್ಲಿ ಅವನೊಬ್ಬ ನೋಡುತ್ತಿರಲಿಲ್ಲ. ತೋಳಿನಲ್ಲಿದ್ದ ಮಗುವಿನ ಟೋಪಿ ಕಣ್ಣಿಗೆ ಜಾರಿತ್ತು, ಅದನ್ನು ಒಂದು ಬೆರಳಲ್ಲಿ ಮೇಲೆತ್ತಿ ಮುಖ ನೋಡುತ್ತಿದ್ದ.

ಶಾಂಭವಿ ಪರದೆಯ ಹತ್ತಿರ ಬಂದಳು.

“ಇದು ನಾನ?”

“ಹೂಂ ಅವ್ವ, ನೀನ.”

“ನನ್ನ ನೋಡಾಕತ್ಯಾನ.”

ದಾನೇಶ್ವರಿ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು.

ಸ್ಟೇಷನ್ ರಸ್ತೆಯ ಅಂಗಡಿಗೆ ಹೋಗಿ ಎರಡು ಪ್ರಿಂಟ್ ಹಾಕಿಸಿ, ಒಂದಕ್ಕೆ ಪ್ಲಾಸ್ಟಿಕ್ ಹೊದಿಕೆ ಮಾಡಿಸಿ ಕೊಟ್ಟಳು ಮಹಾಲಕ್ಷ್ಮಿ. ದಾನೇಶ್ವರಿಯ ಅಕ್ಕನ ಫೋನಿಗೂ ಕಳಿಸಿದಳು. ತಾಯಿ ಮಗಳು ಖೋಲಿಯ ಕಡೆ ತಿರುಗುವಾಗ ಹುಡುಗಿ ಫೋಟೋವನ್ನು ಎರಡೂ ಕೈಯಲ್ಲಿ ಎದೆಗೆ ಆನಿಸಿ ಹಿಡಿದಿದ್ದಳು, ಮುಖ ಹೊರಗೆ ಕಾಣುವಂತೆ.

ಮರುದಿನ ಕೂಸು ಮಲಗಿದ ಮೇಲೆ ಅತ್ತೆಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಮೊದಲು ಫೋಲ್ಡರುಗಳ ಹೆಸರು ಬದಲಾಯಿಸಿದಳು: ‘ಬಾವಿಯಿಂದ 1, ಮೀಟರ್ 8’, ‘ಬಾವಿಯಿಂದ 2, ಮೀಟರ್ 7’, ಹೀಗೆ ಎಂಟೂ. ಬಿಲ್ಲುಗಳನ್ನು ಅವುಗಳ ಮೀಟರ್ ಸಂಖ್ಯೆ ನೋಡಿ ಆಯಾ ಮನೆಗೆ ಸಾಗಿಸಿದಳು. ಆಮೇಲೆ ಬುಟ್ಟಿಯಿಂದ ತೆಗೆದ ಉಳಿದ ಹತ್ತು ಫೋಟೋಗಳನ್ನು, ತಾಳೆ ಬಿತ್ತೆಂದು ಇಟ್ಟುಕೊಂಡಿದ್ದವನ್ನೂ ಸೇರಿಸಿ, ಒಂದೊಂದಾಗಿ ತೋರಿಸಿದಳು. ರಾಮಕ್ಕನಿಗೆ ಓದು ಬರದು. ಆದರೆ ಮುಖ ನೋಡಿದ ಕೂಡಲೇ ಹೆಸರು, ಊರು, ಯಾವ ಕಾರ್ಖಾನೆ ಎಲ್ಲ ಬಂದವು.

“ಇವ್ನು ಭೀಮಪ್ಪ. ಸಾರಿಗೆ ಹುಳಿ ಜಾಸ್ತಿ ಆಯ್ತು ಅಂತ ಹೆಂಡ್ತಿ ಜೊತೆ ಮೂರು ದಿನ ಮಾತು ಬಿಟ್ಟಿದ್ದ. ಬರ್ಕೊ.”

“ಹುಳಿ ಬೇಡ ಅತ್ತೆ. ಹೆಸರು, ಊರು ಸಾಕು.”

“ಬೇಡದ್ದು ಅಂತ ನೀನೇ ತೀರ್ಮಾನ ಮಾಡಿ ಆಯ್ತಲ್ಲ ಒಂದ್ಸಲ.”

ಮಹಾಲಕ್ಷ್ಮಿ ತಲೆ ತಗ್ಗಿಸಿದಳು. ಅತ್ತೆ ಮುನಿಸಿನಿಂದ ಅಂದದ್ದಲ್ಲ, ಆದರೂ ತಾಗಿತು. ಭೀಮಪ್ಪನ ಹುಳಿಗೆ ಡೈರಿಯಲ್ಲಿ ಜಾಗ ಮಾಡಿದಳು.

ಕೊನೆಗೆ ಬಸಲಿಂಗನ ಫೋಟೋಗೆ ಹೆಸರಿಡಲು ಕೂತಳು. ‘2020-12-06, ಕಾಡುಗೋಡಿ ವಠಾರ, ಬಾವಿಯಿಂದ 2, ಬೀಗದಕೈ ಕೊಟ್ಟ ದಿನ, ಬಸಲಿಂಗ ದಾನೇಶ್ವರಿ ಶಾಂಭವಿ’ ಎಂದು ಬೆರಳಚ್ಚಿಸಿದಳು. ರಾಮಕ್ಕ ಪರದೆಯ ಕೆಳಭಾಗಕ್ಕೆ ಬಾಗಿದರು. ಬೆಳಗಿನ ಬಿಸಿಲು ಫೋಟೋ ತೆಗೆಯುವವರ ಬೆನ್ನ ಹಿಂದೆ ಇತ್ತು. ಹೊಸ್ತಿಲ ಮುಂದಿನ ಸಿಮೆಂಟಿನ ಮೇಲೆ ಉದ್ದಕ್ಕೊಂದು ನೆರಳು ಬಿದ್ದಿತ್ತು, ಹೆಗಲ ಮೇಲೆ ಟವೆಲ್ಲು, ಎರಡು ಮೊಣಕೈ ಆಚೀಚೆ ಚಾಚಿಕೊಂಡು.

“ಫೋಟೋ ಹಿಡಿಯುವಾಗ ಅಂಗೇ ನಿಲ್ತಿದ್ರು, ರೆಕ್ಕೆ ಬಿಚ್ಚಿದ ಕೋಳಿ ಥರ,” ಅಂದರು ರಾಮಕ್ಕ. ಆ ನೆರಳಿನ ಮೇಲೆ ಬೆರಳಿಟ್ಟು ಹಾಗೇ ಕೂತರು. ಒಗೆಯುವ ಕಲ್ಲಿನ ಕಡೆಯಿಂದ ಯಾರೋ ಬಟ್ಟೆ ಹಿಂಡುವ ಸದ್ದು ಬರುತ್ತಿತ್ತು.

“ಲಕ್ಷ್ಮಿ, ತೆಗೆದೋರ ಹೆಸ್ರು ಬರಿಯೋಕೆ ಅದ್ರಾಗೆ ಜಾಗ ಐತಾ?”

“ಇದೆ ಅತ್ತೆ,” ಅಂದಳು ಮಹಾಲಕ್ಷ್ಮಿ. ಶಾಂಭವಿಯ ಹೆಸರಿನ ಮುಂದೆ ಒಂದು ಅಡ್ಡಗೆರೆ ಎಳೆದು, ನಲ್ಲಪ್ಪ ಎಂದು ಬರೆದಳು.