ಮೂರನೆಯ ಚಿತ್ರವನ್ನು ನಾನು ಬಾಯಲ್ಲಿ ಹೇಳಿದ ದಿನ

ದಾಂಡೇಲಿಯ ಆ ಸಭಾಂಗಣದಲ್ಲಿ ಮೂರು ತಾಲೂಕುಗಳ ಅಂಗನವಾಡಿ ಕಾರ್ಯಕರ್ತೆಯರು ಕೂತಿದ್ದರು. ಹಳಿಯಾಳ, ಮುಂಡಗೋಡದವರು ಮುಂದೆ, ಜೋಯಿಡಾದವರು ಹಿಂದೆ. ಹಾಗೆ ಕೂರಿರೆಂದು ಯಾರೂ ಹೇಳಿರಲಿಲ್ಲ. ಜೋಯಿಡಾದ ಬಸ್ಸು ತಡವಾಗಿ ಬಂದಿತ್ತು, ಅಷ್ಟೇ. ಎಲ್ಲರ ಕೈಯಲ್ಲೂ ನಾನು ಬರೆದ ವರದಿಯ ಜೆರಾಕ್ಸ್ ಪ್ರತಿ ಇತ್ತು. ಪುಟ ತಿರುವುತ್ತ ತಿರುವುತ್ತ ಮುಂದಿನ ಸಾಲಿನ ಒಬ್ಬಾಕೆ ಕೇಳಿದಳು: "ಮೇಡಮ್ಮರ, ಇಲ್ಲಿ ಬರೇ ಡಬ್ಬಿ ಐತಲ್ರಿ. ಒಳಗ ಏನೂ ಇಲ್ಲ."

ನೋಡಿದೆ. 'ಚಿತ್ರ ಮೂರು' ಎಂಬ ಶೀರ್ಷಿಕೆಯ ಮೇಲೆ ಒಂದು ಖಾಲಿ ಚೌಕ, ಅದರ ಮೂಲೆಯಲ್ಲಿ ಸಣ್ಣದೊಂದು ಇಂಟು ಗುರುತು. ಎಲ್ಲ ಪ್ರತಿಗಳಲ್ಲೂ ಹಾಗೇ.

ಆಗ ನಾನು ಹಳಿಯಾಳದ ಒಂದು ಸಣ್ಣ ಸಂಸ್ಥೆಯಲ್ಲಿ ಅಂಕಿ ಅಂಶ ನೋಡಿಕೊಳ್ಳುತ್ತಿದ್ದೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವಳು ಎಂಬ ಹೆಮ್ಮೆ ಸ್ವಲ್ಪ ಹೆಚ್ಚೇ ಇತ್ತು. ಮಕ್ಕಳು ಅಂಗನವಾಡಿಗೆ ಎಷ್ಟು ದೂರ ನಡೆದು ಬರುತ್ತಾರೆ, ತಿಂಗಳಲ್ಲಿ ಎಷ್ಟು ದಿನ ಬರುತ್ತಾರೆ, ಇವೆರಡನ್ನು ಒಟ್ಟಿಗೆ ನೋಡುವುದು ಆ ವರದಿಯ ಕೆಲಸ. ಅದಕ್ಕಾಗಿ ಒಂದು ಚುಕ್ಕಿ ಗ್ರಾಫ್ ಮಾಡಿದ್ದೆ. ಒಂದು ಕೇಂದ್ರಕ್ಕೆ ಒಂದು ಚುಕ್ಕಿ. ನಡಿಗೆ ಹೆಚ್ಚಾದಷ್ಟೂ ಚುಕ್ಕಿ ಬಲಕ್ಕೆ ಸರಿಯುತ್ತದೆ, ಹಾಜರಿ ಹೆಚ್ಚಾದಷ್ಟೂ ಮೇಲೇರುತ್ತದೆ. ಆ ಗ್ರಾಫನ್ನು ವರದಿಯೊಳಗೆ ಅಂಟಿಸದೆ, ಲ್ಯಾಪ್‌ಟಾಪಿನ ಇನ್ನೊಂದು ಫೈಲಿಗೆ ಕೊಂಡಿ ಹಾಕಿಟ್ಟಿದ್ದೆ. ಆ ಲ್ಯಾಪ್‌ಟಾಪಿನ ಡಿಸ್ಕ್ ಸಭೆಗೆ ಎರಡು ವಾರ ಮೊದಲು ಕೆಟ್ಟುಹೋಯಿತು. ವರದಿ ಮೇಲ್‌ನಲ್ಲಿ ಉಳಿದಿತ್ತು, ಚಿತ್ರ ಉಳಿದಿರಲಿಲ್ಲ. ಮುದ್ರಿಸುವ ಮುನ್ನ ನಾನು ಪುಟ ತೆರೆದೂ ನೋಡಲಿಲ್ಲ. ಚಿತ್ರದ ಕೆಳಗೆ ಬರೆದದ್ದು ಒಂದೇ ಸಾಲು: 'ಮೂರನೆಯ ಚಿತ್ರದಿಂದ ಎಲ್ಲವೂ ಸ್ಪಷ್ಟವಾಗುತ್ತದೆ'. ಏನು ಸ್ಪಷ್ಟವಾಗುತ್ತದೆ ಎಂದು ಬರೆದಿರಲಿಲ್ಲ. ಚಿತ್ರವೇ ಹೇಳುತ್ತದೆ ಎಂದುಕೊಂಡಿದ್ದೆ.

"ಚಿತ್ರ ಇಲ್ಲಂದ್ರ ಮುಂದಿನ ಪುಟಕ್ಕ ಹೋಗೂಣು," ಎಂದರು ವೇದಿಕೆಯಲ್ಲಿದ್ದ ಮೇಲ್ವಿಚಾರಕಿ.

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಇಲ್ಲವೇ "ಕಾಲು ಗಂಟೆ ಕೊಡಿ" ಎನ್ನಬಹುದಿತ್ತು. ಏಕೆಂದರೆ ವರದಿಯ ಕೊನೆಯ ಪುಟದಲ್ಲಿ ಪ್ರತಿ ಕೇಂದ್ರದ ನಡಿಗೆಯೂ ಹಾಜರಿಯೂ ಕೋಷ್ಟಕದಲ್ಲಿ ಇದ್ದವು. ಗ್ರಾಫ್ ಹೋದರೂ ಅದು ಹುಟ್ಟಿದ ಲೆಕ್ಕ ನನ್ನ ಕೈಯಲ್ಲೇ ಇತ್ತು. ನಾನು ಆ ಪುಟ ತಿರುವಲಿಲ್ಲ. ಎದ್ದು ನಿಂತು ಹೇಳಿದೆ: "ಇರಲಿ ಮೇಡಂ, ನನಗೆ ಚೆನ್ನಾಗಿ ನೆನಪಿದೆ. ಹೇಳುತ್ತೇನೆ."

ಕಪ್ಪು ಹಲಗೆಯ ಮೇಲೆ ಎರಡು ಗೆರೆ ಎಳೆದು, ಗಾಳಿಯಲ್ಲಿ ಕೈಯಾಡಿಸುತ್ತ ಹೇಳಿದೆ: ಚುಕ್ಕಿಗಳೆಲ್ಲ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಒಂದೇ ಇಳಿಜಾರಿನಲ್ಲಿ ಇಳಿಯುತ್ತವೆ. ದೂರ ಹೆಚ್ಚಿದಂತೆ ಹಾಜರಿ ಕಡಿಮೆ. ಯಾವುದೇ ಗೊಂದಲವಿಲ್ಲ.

"ಎಲ್ಲಾ ಚುಕ್ಕಿನೂ ಹಂಗ ಅದಾವೇನ್ರಿ?" ಎಂದು ಮೇಲ್ವಿಚಾರಕಿ ಕೇಳಿದರು.

"ಒಂದೇ ಒಂದು ಬಿಟ್ಟು," ಎಂದೆ. "ಬಲಗಡೆ ತೀರ ಮೇಲೆ ಒಂಟಿಯಾಗಿ ಒಂದಿದೆ. ಅಷ್ಟು ದೂರದಿಂದ ಮಕ್ಕಳು ದಿನಾ ಬರುವುದು ಸಾಧ್ಯವಿಲ್ಲ. ಹಾಜರಿ ಪುಸ್ತಕದಲ್ಲೇ ಏನೋ ತಪ್ಪಾಗಿರಬೇಕು. ಅದನ್ನು ಲೆಕ್ಕಕ್ಕೆ ಹಿಡಿಯಬಾರದು."

"ಯಾವ ಕೇಂದ್ರರಿ ಅದು?"

ಹೆಸರು ಹೇಳಿದೆ. ಅದೊಂದು ಮಾತ್ರ ನೆನಪಿನಲ್ಲಿ ಸರಿಯಾಗಿತ್ತು.

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ತಲೆ ಎತ್ತಿದಳು. ಅದೇ ಕೇಂದ್ರದ, ಕಾಡಿನಂಚಿನ ಸಿದ್ದಿ ಬುಡಕಟ್ಟಿನ ಹಳ್ಳಿಯ ಕಾರ್ಯಕರ್ತೆ, ನಲವತ್ತರ ಆಸುಪಾಸು. ಎಲ್ಲರೂ ತಿರುಗಿ ಅವಳನ್ನು ನೋಡಿದರು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ವರದಿಯ ಕೊನೆಯ ಪುಟ ತೆಗೆದು, ಬೆರಳಿಟ್ಟು ಏನನ್ನೋ ಓದಿ, ಮಡಚಿ ಚೀಲಕ್ಕೆ ಹಾಕಿಕೊಂಡಳು. ಮೇಲ್ವಿಚಾರಕಿ ತಮ್ಮ ಡೈರಿಯಲ್ಲಿ ಗುರುತು ಹಾಕಿಕೊಂಡರು.

ಚಹಾ ಬಂತು. ಚೆನ್ನಾಗಿ ವಿವರಿಸಿದೆ ಎಂದು ಇಬ್ಬರು ಹೇಳಿದರು. ನನಗೂ ಹಾಗೇ ಅನ್ನಿಸಿತ್ತು.

ಮುಂದಿನ ತಿಂಗಳು ವರದಿಯ ಪೂರ್ಣ ಪ್ರತಿ ಬೇಕೆಂದು ಇಲಾಖೆಯಿಂದ ಪತ್ರ ಬಂತು. ಚಿತ್ರವನ್ನು ಮತ್ತೆ ಮಾಡಲೇಬೇಕಾಯಿತು. ಆಫೀಸಿನಲ್ಲಿ ಹೊಸ ಯಂತ್ರ ಇನ್ನೂ ಬಂದಿರಲಿಲ್ಲ. ಗ್ರಾಫ್ ಹಾಳೆ ತಂದು, ಕೊನೆಯ ಪುಟದ ಕೋಷ್ಟಕ ಪಕ್ಕದಲ್ಲಿಟ್ಟುಕೊಂಡು, ಪೆನ್ಸಿಲಿನಿಂದ ಒಂದೊಂದೇ ಚುಕ್ಕಿ ಇಡುತ್ತ ಹೋದೆ. ಅರ್ಧ ಮುಗಿಯುವಷ್ಟರಲ್ಲಿ ಕೈ ನಿಧಾನವಾಯಿತು.

ನಾನು ಹೇಳಿದ ಇಳಿಜಾರು ಅಲ್ಲಿರಲಿಲ್ಲ. ಇದ್ದದ್ದು ಎರಡು ಗುಂಪು. ಎಡಗಡೆ ಮೇಲೆ ಒಂದು, ಹಳಿಯಾಳ ಮುಂಡಗೋಡದ ಬಯಲು ಊರುಗಳದ್ದು, ಮನೆಗಳು ಒತ್ತೊತ್ತಾಗಿರುವ ಕಡೆಯದ್ದು. ಬಲಗಡೆ ಕೆಳಗೆ ಇನ್ನೊಂದು, ಒಂದೊಂದು ಮನೆ ಒಂದೊಂದು ದಿಕ್ಕಿಗಿರುವ ಕಾಡಿನ ಕಡೆಯದ್ದು. ನಡುವೆ ಖಾಲಿ ಜಾಗ. ದೂರದಿಂದ ನೋಡಿದರೆ ಎರಡೂ ಸೇರಿ ಇಳಿದಂತೆ ಕಾಣುತ್ತವೆ, ನಿಜ. ಆದರೆ ಯಾವುದೇ ಒಂದು ಗುಂಪಿನೊಳಗೆ ಹೊಕ್ಕು ನೋಡಿದರೆ ಇಳಿಜಾರೇ ಇಲ್ಲ. ಕಾಡಿನ ಕೇಂದ್ರಗಳಲ್ಲೇ ಹೆಚ್ಚು ದೂರದವು ಕಡಿಮೆ ದೂರದವುಗಳಿಗಿಂತ ಕೆಳಗಿರಲಿಲ್ಲ. ಬಯಲಿನಲ್ಲೂ ಅಷ್ಟೇ. ಎರಡೂ ಕಡೆಗಳ ನಡುವೆ ಬೇರೆ ಎಷ್ಟೋ ವ್ಯತ್ಯಾಸಗಳಿವೆ: ಹಳ್ಳ, ದಾರಿ, ಮನೆಯಲ್ಲಿ ಹಗಲು ಯಾರಿರುತ್ತಾರೆ ಎಂಬುದು. ದೂರವೊಂದೇ ಕಾರಣ ಎನ್ನಲು ಆ ಚುಕ್ಕಿಗಳು ಆಧಾರ ಕೊಡುತ್ತಿರಲಿಲ್ಲ.

ಇನ್ನೊಂದು ಚುಕ್ಕಿ ಇಟ್ಟಾಗ ಪೆನ್ಸಿಲ್ ಕೆಳಗಿಟ್ಟೆ. ಗುಂಪು ಬಿಟ್ಟು ನಿಂತ ಚುಕ್ಕಿ ಒಂದಲ್ಲ, ಎರಡು. ಬಲಗಡೆ ಮೇಲಿನದು ಆ ಸಿದ್ದಿ ಹಳ್ಳಿಯದು. ಎಡಗಡೆ ತೀರ ಕೆಳಗೆ ಇನ್ನೊಂದಿತ್ತು. ಮನೆಗಳ ಮಗ್ಗುಲಲ್ಲೇ ಇರುವ ಕೇಂದ್ರ, ಆದರೆ ಮಕ್ಕಳೇ ಬಾರದ್ದು. ಅದು ನಮ್ಮ ಕಡೆಯ ಊರು. ಅಂಕಿ ಸಂಗ್ರಹಕ್ಕೆ ಹೋದಾಗ ಅಲ್ಲಿ ರೊಟ್ಟಿ ಊಟ ಮಾಡಿ ಬಂದಿದ್ದೆ. ಆ ಕೇಂದ್ರದ ಕಾರ್ಯಕರ್ತೆ ನನ್ನ ಅತ್ತೆಯ ಕಡೆಯಿಂದ ಬಳಗವಾಗಬೇಕು. ಆ ಚುಕ್ಕಿಯನ್ನು ನಾನು ಮರೆತೇ ಬಿಟ್ಟಿದ್ದೆ. ಆ ಎರಡೂ ಚುಕ್ಕಿಗಳು ನನ್ನ ಇಳಿಜಾರನ್ನು ಕೆಡಿಸುವಂಥವು. ಒಂದನ್ನು ಸುಳ್ಳೆಂದು ತಳ್ಳಿ, ಇನ್ನೊಂದನ್ನು ಮರೆತು, ನಾನು ನೀಟಾದ ಗೆರೆಯೊಂದನ್ನು ನೆನಪಿಟ್ಟುಕೊಂಡಿದ್ದೆ. ನಮ್ಮ ಕಡೆಯ ಪುಸ್ತಕವನ್ನು ಅನುಮಾನಿಸಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಆ ಹೆಂಗಸಿನ ಪುಸ್ತಕವನ್ನು ಅನುಮಾನಿಸಲು ಒಂದು ಕ್ಷಣವೂ ಹಿಡಿದಿರಲಿಲ್ಲ.

ಆ ಸಿದ್ದಿ ಹಳ್ಳಿಯ ಲೆಕ್ಕದ ಬಗ್ಗೆ ಕೇಳಲು ಮೇಲ್ವಿಚಾರಕಿಗೆ ಫೋನ್ ಮಾಡಿದೆ.

"ಅಯ್ಯ, ಆ ಕೇಂದ್ರಕ್ಕ ಎರಡ ಸಲ ಹೋಗಿ ಬಂದೇನ್ರಿ," ಎಂದರು. "ಹೇಳದ ಕೇಳದ ಹೋಗಿದ್ದೆ. ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಎಣಿಸೇನಿ. ಪುಸ್ತಕದಾಗ ಇದ್ದಷ್ಟೂ ಇದ್ವು. ಏನೂ ತಪ್ಪಿಲ್ಲ."

"ಅವರಿಗೆ ಏನು ಹೇಳಿದಿರಿ?"

"ಏನ್ ಹೇಳೂದ್ರಿ? ಸರಿ ಐತಿ ಅಂದು ಸಹಿ ಮಾಡಿ ಬಂದೆ."

ಎರಡು ದಿನ ಬಿಟ್ಟು ಆ ಹಳ್ಳಿಗೆ ಹೋದೆ. ಬಸ್ ಇಳಿದು ಬಹಳ ನಡೆಯಬೇಕಾಯಿತು. ಕೇಂದ್ರದ ಹತ್ತಿರ ಬರುವಾಗ ದಾರಿಯಲ್ಲೇ ಅವಳು ಎದುರಾದಳು. ಮುಂದೆ ಅವಳು, ಹಿಂದೆ ಒಬ್ಬರ ಅಂಗಿ ಒಬ್ಬರು ಹಿಡಿದ ಮಕ್ಕಳು, ಕೊನೆಯಲ್ಲಿ ಒಬ್ಬ ಅಜ್ಜಿ. ದಿನಾ ಬೆಳಿಗ್ಗೆ ತೀರ ದೂರದ ಮನೆಗೆ ಹೋಗಿ, ಅಲ್ಲಿಂದ ಮನೆ ಮನೆಯ ಮಕ್ಕಳನ್ನು ಕೂಡಿಸಿಕೊಂಡು ಬರುತ್ತಾಳಂತೆ. ಅಜ್ಜಿಯರು ಸರತಿಯ ಮೇಲೆ ಜೊತೆಗೆ ಬರುತ್ತಾರೆ. ಇದನ್ನು ಹೇಳಿದವಳು ಅವಳಲ್ಲ, ಅಜ್ಜಿ. ಅಂಕಿ ಸಂಗ್ರಹದ ದಿನ ನಾನು ಆ ಊರಿಗೆ ಹೋಗಿರಲೇ ಇಲ್ಲ. ಫೋನಿನಲ್ಲಿ ಕೇಳಿ ಬರೆದುಕೊಂಡಿದ್ದೆ.

ಮಕ್ಕಳನ್ನು ಒಳಗೆ ಕೂರಿಸಿದ ಮೇಲೆ ಗ್ರಾಫ್ ಹಾಳೆ ತೆಗೆದು ಅವಳ ಮುಂದಿಟ್ಟೆ. "ನನ್ನದು ತಪ್ಪಾಯಿತು. ನೋಡದೆ ಹೇಳಿದೆ. ನಿಮ್ಮ ಚುಕ್ಕಿ ಇದು, ಇದು ನಿಜ."

ಅವಳು ತನ್ನ ಚುಕ್ಕಿಯ ಮೇಲೆ ಬೆರಳಿಟ್ಟಳು. "ನಾ ಅವತ್ತ ಕಡೀ ಪುಟ ನೋಡಿದ್ದೆ ಬಾಯಾರ," ಎಂದಳು. "ನಮ್ಮ ಊರಿನ ಲೆಕ್ಕ ಸರಿ ಇತ್ತು. ನಿಮ್ಮ ಕೈಯಾಗೂ ಅದ ಪುಟ ಇತ್ತಲ್ರಿ?"

"ಇತ್ತು."

"ಮೇಡಮ್ಮರು ಬಂದು ಮಕ್ಕಳನ್ನ ಎಣಿಸೂ ಮುಂದ ತಾಯಂದ್ರು ಬಾಗಿಲಕ ನಿಂತಿದ್ರು. ಇಕಿ ಏನ್ ಕದ್ದಾಳ ಅಂತ ನೋಡ್ತಿದ್ರು."

ಮತ್ತೊಮ್ಮೆ ತಪ್ಪಾಯಿತು ಎಂದೆ.

"ಹೇಳಿದ್ದು ಎಲ್ಲಾರ ಮುಂದ," ಎಂದಳು ಅವಳು, ದನಿ ಏರಿಸದೆ. "ತಪ್ಪಾತು ಅನ್ನಾಕ ಬಂದಿದ್ದು ಇಲ್ಲಿ ಮಟ, ಒಬ್ಬಾಕೀ ಮುಂದ."

ನೀರು ಕೊಟ್ಟಳು. ಕುಡಿದು ವಾಪಸ್ ನಡೆದೆ. ಒಂಟಿಯಾಗಿ ಹೋಗಿ ಕ್ಷಮೆ ಕೇಳಿದ್ದು ಧೈರ್ಯ ಎಂದುಕೊಂಡಿದ್ದೆ. ಅದು ಸುಲಭದ ದಾರಿಯಾಗಿತ್ತು ಎಂಬುದನ್ನು ಅವಳು ಕಂಡಿದ್ದಳು.

ಮರುವಾರ ನಮ್ಮ ಕಡೆಯ ಆ ಇನ್ನೊಂದು ಊರಿಗೂ ಹೋದೆ. ಅಲ್ಲಿ ಬೆಳಗಾಗುತ್ತಲೇ ಟೆಂಪೋ ಬಂದು ಹೆಂಗಸರನ್ನು ಹೊಲದ ಕೆಲಸಕ್ಕೆ ಕರೆದೊಯ್ಯುತ್ತದೆ. ಅಂಗನವಾಡಿ ತೆರೆಯುವ ಮೊದಲೇ ಮಕ್ಕಳೂ ಅದರಲ್ಲಿ ಹೋಗಿಬಿಡುತ್ತಾರೆ. ಕೇಂದ್ರ ಮನೆಯ ಪಕ್ಕದಲ್ಲಿದ್ದರೇನು?

ಮುಂದಿನ ಸಭೆ ಮತ್ತೆ ದಾಂಡೇಲಿಯಲ್ಲೇ. ಈ ಸಲ ಚಿತ್ರ ಇತ್ತು. ಆದರೂ ಅದರ ಕೆಳಗೆ ಮಾತಿನಲ್ಲಿ ಬರೆದು ತಂದಿದ್ದೆ, ಎದ್ದು ನಿಂತು ಅದನ್ನೇ ಓದಿದೆ: ಎರಡು ಗುಂಪುಗಳಿವೆ, ಒಟ್ಟಾರೆ ನೋಡಿದರೆ ಇಳಿಮುಖ, ಗುಂಪಿನೊಳಗೆ ಯಾವ ದಿಕ್ಕೂ ಇಲ್ಲ, ಹೊರಗೆ ನಿಂತ ಚುಕ್ಕಿಗಳು ಎರಡು, ಎರಡನ್ನೂ ಹೋಗಿ ನೋಡಿದ್ದೇನೆ, ಎರಡೂ ಸರಿ. ಆಮೇಲೆ ಕಾಗದ ಮಡಚಿ, ಹಿಂದಿನ ಸಭೆಯಲ್ಲಿ ನಾನು ಕೋಷ್ಟಕ ನೋಡದೆ ಹೇಳಿದ್ದು ಸುಳ್ಳು, ಹಾಜರಿ ಪುಸ್ತಕ ತಪ್ಪೆಂದದ್ದಕ್ಕೆ ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ ಎಂದೆ. ಆ ಕೇಂದ್ರದ ಹೆಸರನ್ನು ಮತ್ತೆ ಗಟ್ಟಿಯಾಗಿ ಹೇಳಿದೆ. ಮೇಲ್ವಿಚಾರಕಿ ಡೈರಿಯತ್ತ ನೋಡುತ್ತಿದ್ದರು. ಈ ಸಲ ಯಾರೂ ಕಿಸಕ್ಕೆನ್ನಲಿಲ್ಲ.

ಚಹಾದ ಹೊತ್ತಿಗೆ ಮುಂದಿನ ಸಾಲಿನ ಇಬ್ಬರು ಬಂದು, "ಎಷ್ಟ ದೊಡ್ಡ ಮನಸ್ಸರಿ ನಿಮ್ಮದು, ಎಲ್ಲಾರ ಮುಂದ ಒಪ್ಪಿಕೊಂಡ್ರಿ," ಎಂದರು. ಹೊಗಳಿಕೆ ಮತ್ತೆ ನನಗೇ ಬಂದಿತ್ತು. ದಿನಾ ಅಷ್ಟು ದೂರ ನಡೆಯುವವಳನ್ನು ಯಾರೂ ಮಾತನಾಡಿಸಿರಲಿಲ್ಲ.

ಅವಳು ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೊರಟಿದ್ದಳು. ನನ್ನ ಪಕ್ಕ ಹಾಯುವಾಗ ಒಂದು ಗಳಿಗೆ ನಿಂತಳು.

"ಇನ್ನ ಮ್ಯಾಲ ಬಂದು ನೋಡಿ ಬರಕೊಳ್ರಿ ಬಾಯಾರ," ಎಂದಳು. "ಫೋನ್ ಬ್ಯಾಡ."

ನಾನು ಹೂಂ ಎನ್ನುವಷ್ಟರಲ್ಲಿ ಅವಳು ಮೆಟ್ಟಿಲಿಳಿದಿದ್ದಳು.