ರುಚಿ ನೋಡುವ ಚಮಚ

ತಿನ್ನುವುದು ಬೇರೆ, ರುಚಿ ನೋಡುವುದು ಬೇರೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಬಡಿಸಿಕೊಂಡು, ಕುಳಿತು, ಬಾಯಿ ಚಪ್ಪರಿಸಿದರೆ ಅದು ತಿಂದದ್ದು. ಒಲೆಯ ಪಕ್ಕ ನಿಂತು ಚಮಚದಲ್ಲಿ ಬಾಯಿಗೆ ಹಾಕಿಕೊಂಡದ್ದು ಕೆಲಸ. ಹೋಟೆಲಿನವರಿಗೆಲ್ಲ ಈ ನಂಬಿಕೆ ಒಂದಿಷ್ಟು ಇದ್ದೇ ಇರುತ್ತದೆ. ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ನಮ್ಮದು ಮಯೂರ್ ವಿಹಾರದ ಮಾರ್ಕೆಟ್ಟಿನಲ್ಲಿರುವ ಉಡುಪಿ ಹೋಟೆಲು. ಅಪ್ಪ ಶುರು ಮಾಡಿದ್ದು. ದಿಲ್ಲಿಯವರು ದೋಸೆಗೆ ಬರುತ್ತಾರೆ, ನಮ್ಮ ಕಡೆಯವರು ಕಾಶಿ ಹಲ್ವಾಕ್ಕೆ ಬರುತ್ತಾರೆ. ಬೂದುಗುಂಬಳ ತುರಿದು, ನೀರು ಹಿಂಡಿ, ಬೇಯಿಸಿ, ಸಕ್ಕರೆ ತುಪ್ಪ ಹಾಕಿ ಮಗುಚುವ ಆ ಹಲ್ವಾಕ್ಕೆ ಅಳತೆ ಅರ್ಧ ದಾರಿಗಷ್ಟೇ ಜೊತೆ ಬರುತ್ತದೆ. ಇಲ್ಲಿಯ ಮಂಡಿಯಲ್ಲಿ ಪೇಠಾ ಎಂದು ಮಾರುವ ಕಾಯಿ ಒಂದು ದಿನ ಎಳೆಯದು, ಒಂದು ದಿನ ಬಲಿತದ್ದು, ಇನ್ನೊಂದು ದಿನ ಬರೀ ನೀರು. ಸಕ್ಕರೆ ಸಾಕೋ ಬೇಕೋ ಎಂದು ಕೊನೆಗೆ ಒಂದು ನಾಲಿಗೆ ಹೇಳಬೇಕು. ಅಡುಗೆಯ ಭಟ್ಟರು ಹೇಳುವುದಿಲ್ಲ. ಒಲೆ ಹತ್ತಿಸಿದ ಮೇಲೆ ಮಧ್ಯಾಹ್ನದ ಊಟದವರೆಗೆ ಅವರು ಏನನ್ನೂ ಬಾಯಿಗೆ ಹಾಕುವವರಲ್ಲ. ಒಂದು ತುತ್ತು ದೇವರ ಪಟದ ಮುಂದಿಟ್ಟು ನೈವೇದ್ಯ ಮಾಡಿ, ಉರಿ ಸಣ್ಣದು ಮಾಡಿ, ಆ ತುತ್ತನ್ನು ಚಮಚದೊಂದಿಗೆ ನನ್ನ ಕೈಗೆ ಕೊಡುತ್ತಾರೆ. ಅಪ್ಪನ ಕಾಲದಲ್ಲಿ ಅಪ್ಪನ ಕೈಗೆ ಕೊಡುತ್ತಿದ್ದರು.

ಅಪ್ಪ ನನಗೆ ಕಲಿಸಿದ್ದು ಇಷ್ಟೇ. ಬಾಯಿಗೆ ಹಾಕಿದ ಕೂಡಲೇ ಸಿಹಿ ಅನ್ನಿಸಬೇಕು, ನುಂಗಿದ ಕೂಡಲೇ ಇನ್ನಷ್ಟು ಬೇಕು ಅನ್ನಿಸಬೇಕು. ಇನ್ನಷ್ಟು ಬೇಕು ಅನ್ನಿಸುವ ವಿಷಯದಲ್ಲಿ ನಾನು ಅಪ್ಪನಿಗಿಂತ ಒಂದು ಕೈ ಮೇಲೆ.

ಬೆಳಿಗ್ಗೆಯದು ಕೆಲಸವಾದರೆ ಸಂಜೆಯದು ಸುಖ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ದಿಲ್ಲಿ ಹಿಡಿಸಿರಲಿಲ್ಲ. ಭಾಷೆ ಬಾರದು, ಚಳಿ ತಡೆಯದು, ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಹಗಲಿಡೀ ಒಬ್ಬಳೇ. ಸಮಾಧಾನ ಮಾಡುವ ಮಾತು ನನಗೆ ಬರುತ್ತಿರಲಿಲ್ಲ. ಬಾಳೆಲೆಯ ಚೂರಿನಲ್ಲಿ ಹಲ್ವಾ ಕಟ್ಟಿಕೊಂಡು ಹೋದೆ. ಅವಳು ಅರ್ಧ ತಿಂದು ಎಲೆಯನ್ನು ನನ್ನತ್ತ ತಿರುಗಿಸಿದಳು. ಅಲ್ಲಿಂದ ಆ ಪೊಟ್ಟಣ ತಪ್ಪಲಿಲ್ಲ. ಎರಡು ಚಮಚ ಸಕ್ಕರೆಯ ಚಹಾ, ನಡುವೆ ಒಂದು ಎಲೆ, ಇಬ್ಬರ ಬೆರಳು. ಜಗಳವಾಡಿದ ದಿನವೂ ಎಲೆ ಒಂದೇ ಇರುತ್ತಿತ್ತು, ಮಾತು ಮಾತ್ರ ಇರುತ್ತಿರಲಿಲ್ಲ.

ಹೀಗಿರುವಾಗ ಒಂದು ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಗಡಿಯ ಹತ್ತಿರ ಬಂದು ನಿಂತದ್ದು ಗೊತ್ತಾಯಿತು. ಇನ್ನೂ ಕಾಯಿಲೆಯಲ್ಲ, ಈಗಲೇ ಎಚ್ಚರವಾದರೆ ಒಳ್ಳೆಯದು ಎಂದು ಡಾಕ್ಟರು ಡಯಟೀಷಿಯನ್ ಬಳಿ ಕಳಿಸಿದರು. ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಎಲ್ಲ ಬಿಡಿ ಅನ್ನುತ್ತಾಳೆ, ನಾನು ಹೂಂ ಅನ್ನುತ್ತೇನೆ, ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ತಯಾರಾಗಿ ಹೋಗಿದ್ದೆ. ಅವಳು ಏನನ್ನೂ ಬಿಡಿಸಲಿಲ್ಲ.

“ಧೀರೇ ಧೀರೇ, ಅಂಕಲ್‌ಜೀ,” ಎಂದಳು. ಒಮ್ಮೆಗೇ ಬಿಟ್ಟವರು ಒಮ್ಮೆಗೇ ಹಿಡಿಯುತ್ತಾರಂತೆ. ಚಹಾಕ್ಕೆ ಗುಡ್ಡೆ ಚಮಚವಲ್ಲ, ಸಮ ಮಾಡಿದ ಚಮಚ. ಎರಡು ವಾರಕ್ಕೊಮ್ಮೆ ಕಾಲು ಚಮಚ ಕಡಿಮೆ. ಸಂಜೆಯ ಹಲ್ವಾ ಮೊದಲು ಅರ್ಧ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಭಾನುವಾರ ಮಾತ್ರ, ಅದೂ ಊಟದ ಜೊತೆಗೆ ಚಿಕ್ಕ ಬಟ್ಟಲಲ್ಲಿ. ಉಳಿದ ದಿನ ಸಿಹಿ ಬೇಕೆನ್ನಿಸಿದರೆ ಒಂದು ಪೇರಲ, ಇಲ್ಲವೇ ಅರ್ಧ ಸೇಬು. ನಾನು ಬೆಲ್ಲದ ಹೆಸರು ಎತ್ತಿ ನೋಡಿದೆ. “ವೋ ಭೀ ಚೀನೀ ಹೀ ಹೈ,” ಅದೂ ಸಕ್ಕರೆಯೇ, ಎಂದು ಆ ಬಾಗಿಲನ್ನೂ ಮುಚ್ಚಿದಳು. ಜೇನಿನ ಹೆಸರು ಎತ್ತುವ ಧೈರ್ಯ ಮಾಡಲಿಲ್ಲ.

ಮನೆಯಲ್ಲಿ ಕಾಲು ಚಮಚ ತೆಗೆಯುವುದು ಸುಲಭ. ಹೆಂಡತಿ ಸಕ್ಕರೆ ಹಾಕದೆ ಚಹಾ ಕುದಿಸಿ, ಏಲಕ್ಕಿ ಒಂದು ಜಾಸ್ತಿ ಜಜ್ಜಿ, ಲೋಟಕ್ಕೆ ಅಳೆದು ಹಾಕುತ್ತಿದ್ದಳು. ಕಷ್ಟ ಮಾರ್ಕೆಟ್ಟಿನದು. ಹೋಟೆಲಿನ ಚಹಾ ಕುಡಿಯದೆ ಎದುರಿನ ಚಾಯ್ ಭಯ್ಯಾನ ಹತ್ತಿರ ಕುಡಿಯುವುದು ನನ್ನ ಹಳೆಯ ಚಟ. ಅವನು ಸಕ್ಕರೆಯನ್ನು ಹಾಲಿನ ಜೊತೆಗೇ ಕುದಿಸುವವನು. ಅದರಿಂದ ಕಾಲು ಚಮಚ ಹೇಗೆ ತೆಗೆಯುವುದು? ಪುಣ್ಯಕ್ಕೆ ಶುಗರ್ ಇರುವವರಿಗೆಂದು ಪಕ್ಕದಲ್ಲಿ ಸಕ್ಕರೆ ಹಾಕದ ಫೀಕಾ ಚಹಾದ ಒಂದು ಪಾತ್ರೆ ಇಟ್ಟಿದ್ದ. ಸಿಹಿಯದು ಮುಕ್ಕಾಲು ಲೋಟ, ಫೀಕಾ ಕಾಲು. ಆಮೇಲೆ ಅರ್ಧ ಅರ್ಧ. ಪೂರ್ತಿ ಫೀಕಾಕ್ಕೆ ಇಳಿದ ದಿನ ಭಯ್ಯಾ ನನ್ನ ಮುಖ ನೋಡಿ ಒಂದು ಬಿಸ್ಕತ್ತು ಪುಕ್ಕಟೆ ಕೊಟ್ಟ. ಅದನ್ನೂ ವಾಪಸ್ ಕೊಟ್ಟೆ. ಬಾಯಿಗೆ ಆ ಚಹಾ ಪಾತ್ರೆ ತೊಳೆದ ನೀರಿನ ಹಾಗಿತ್ತು. ಹಳೆಯ ಚಹಾದ ಕೊನೆಯ ಗುಟುಕಿನಲ್ಲಿ ಇರುತ್ತಿದ್ದ ಆ ಮಂದ ಸಿಹಿಯನ್ನು ನೆನೆದು ನಿಜಕ್ಕೂ ಅಳು ಬರುವ ಹಾಗಾಗಿತ್ತು.

ಸಂಜೆಯ ಎಲೆ ದಿನ ಬಿಟ್ಟು ದಿನಕ್ಕೆ ಬಂದಾಗ ಹೆಂಡತಿಯೇ ಕೈ ಎತ್ತಿದಳು. “ನಿಮ್ಮೆದುರು ಕೂತು ತಿನ್ನೋಕೆ ನಂಗೆ ಗಂಟಲಲ್ಲಿ ಇಳಿಯಲ್ಲ. ತರಲೇಬೇಡಿ. ಭಾನುವಾರದ್ದು ಹೋಟ್ಲಲ್ಲೇ ತಿನ್ಕೊಂಡು ಬನ್ನಿ.” ತನ್ನ ಚಹಾದ ಎರಡು ಚಮಚವನ್ನು ಮಾತ್ರ ಬಿಡಲಿಲ್ಲ. ನನ್ನ ಜೊತೆಗೇ ಮಾಡಿಸಿದ ಪರೀಕ್ಷೆಯಲ್ಲಿ ಅವಳದೆಲ್ಲ ಸರಿಯಾಗಿತ್ತು. “ನಂಗೇನಾಗಿದೆ ಅಂತ ಬಿಡ್ಲಿ?” ಎಂದಳು. ನಾನು ಪೇರಲ ಕಚ್ಚುತ್ತ ಕೂರುತ್ತಿದ್ದೆ. ನಡುವೆ ಎಲೆಯಿಲ್ಲದ ಮೇಲೆ ಅವಳೊಂದು ಕಡೆ, ನಾನೊಂದು ಕಡೆ, ಟಿವಿ ಒಂದು ಕಡೆ.

ಇಷ್ಟೆಲ್ಲ ಮಾಡಿ ಮೂರು ತಿಂಗಳ ಪರೀಕ್ಷೆಗೆ ಹೋದರೆ ಫಲ ಅಷ್ಟಕ್ಕಷ್ಟೆ. ಡಯಟೀಷಿಯನ್ ಬೆಳಿಗ್ಗೆಯಿಂದ ರಾತ್ರಿಯವರೆಗಿನದನ್ನು ಇನ್ನೊಮ್ಮೆ ಹೇಳಿಸಿದಳು. ಹೇಳಿದೆ, ಸತ್ಯವನ್ನೇ ಹೇಳಿದೆ. ಪಕ್ಕದಲ್ಲಿದ್ದ ಹೆಂಡತಿ ಮೆಲ್ಲಗೆ, “ಬೆಳಿಗ್ಗೆ ರುಚಿ ನೋಡೋದು ಹೇಳಿ,” ಎಂದಳು.

“ಅದು ತಿನ್ನೋದಲ್ಲವಲ್ಲ.”

ಆ ಹುಡುಗಿಗೆ ಕನ್ನಡ ಬಾರದಿದ್ದರೂ ಏನೋ ವಾಸನೆ ಹತ್ತಿತು. ಕೇಳಿದಳು. ಹಲ್ವಾ ಒಂದು ಚಮಚ, ಸರಿಯಾಯಿತೋ ಎಂದು ಇನ್ನೊಂದು, ಕೇಸರಿಬಾತಿನದು ಒಂದು, ಮಧ್ಯಾಹ್ನದ ಪಾಯಸದ್ದು ಎರಡು. ಎಂಥ ಚಮಚ ಎಂದಳು. ಬಡಿಸುವ ಚಮಚವನ್ನು ಕೈಯಲ್ಲೇ ಅಳತೆ ಮಾಡಿ ತೋರಿಸಿದೆ. ಹುಡುಗಿ ಪೆನ್ನು ಕೆಳಗಿಟ್ಟಳು. ದಿನಾ ಖಾಲಿ ಹೊಟ್ಟೆಯಲ್ಲಿ ಒಂದು ಬಟ್ಟಲು ಸಿಹಿ ತಿನ್ನುತ್ತಿದ್ದೀರಿ ಅಂಕಲ್‌ಜೀ ಎಂದಳು. ನನ್ನ ಇಷ್ಟು ವರ್ಷದ ಕೆಲಸಕ್ಕೆ ಅವಳು ಇಟ್ಟ ಹೆಸರು ಅದು.

ರುಚಿ ನೋಡಿ ಉಗುಳಿಬಿಡಿ, ಆ ಕೆಲಸದವರು ಹಾಗೇ ಮಾಡುತ್ತಾರೆ ಎಂದೂ ಹೇಳಿದಳು. ದೇವರ ಮುಂದಿಟ್ಟದ್ದನ್ನು ಉಗುಳುವುದುಂಟೇ? ಕೊನೆಗೆ ರಾಜಿಯಾಯಿತು. ಹಲ್ವಾ ಮಾತ್ರ, ತಿಂಡಿಯಾದ ಮೇಲೆ, ಚಹಾ ಚಮಚದ ತುದಿಯಲ್ಲಿ ಒಂದೇ ಒಂದು ಸಲ. ಪಾಯಸ, ಕೇಸರಿಬಾತು ಭಟ್ಟರ ಅಳತೆಗೆ ಬಿಟ್ಟದ್ದು.

ಆಮೇಲೆ ರಕ್ತದ ಸಕ್ಕರೆ ಇಳಿಯತೊಡಗಿತು. ಫೀಕಾ ಚಹಾದಲ್ಲಿ ಹಾಲಿನ ರುಚಿ, ಶುಂಠಿಯ ಖಾರ ತಿಳಿಯತೊಡಗಿತು. ಪೇರಲವೇ ಸಿಹಿಯೆನ್ನಿಸತೊಡಗಿತು. ನನ್ನ ಬಗ್ಗೆ ನನಗೆ ಸ್ವಲ್ಪ ಜಂಬವೂ ಬಂತು. ಅದೇ ಜಂಬದಲ್ಲಿ ಒಂದು ಬೆಳಿಗ್ಗೆ, “ಭಟ್ರೇ, ಸಕ್ಕರೆ ಜಾಸ್ತಿಯಾಯ್ತಲ್ಲ,” ಎಂದೆ.

“ಎಂದಿನ ಹಾಗೇ ಹಾಕಿದ್ದು, ಯಜಮಾನ್ರೇ.”

“ನಾಳೆಯಿಂದ ಒಂದು ಹಿಡಿ ಕಡಿಮೆ ಮಾಡಿ.”

ಕೆಲವು ದಿನಗಳಾದ ಮೇಲೆ ಮತ್ತೆ ಒಂದು ಹಿಡಿ, ಆಮೇಲೆ ಇನ್ನೊಂದು. ಭಟ್ಟರು ಮಗುಚುತ್ತಲೇ ಹೂಂಗುಟ್ಟಿದರು. ನಾಲಿಗೆ ಯಜಮಾನನದು, ಅವರು ಮಾತಾಡುವುದು ಹೇಗೆ?

ವಸಂತ್ ಕುಂಜಿನಿಂದ ಭಾನುವಾರ ಹಲ್ವಾಕ್ಕೆಂದೇ ಬರುವ ರಿಟೈರ್ಡ್ ಆಫೀಸರೊಬ್ಬರು ಇದ್ದರು, ಮೈಸೂರಿನ ಕಡೆಯವರು. ಅಪ್ಪನ ಕಾಲದ ಗಿರಾಕಿ. ಒಂದು ಭಾನುವಾರ ಅವರ ಪ್ಲೇಟಿನಲ್ಲಿ ಹಲ್ವಾ ಅರ್ಧ ಉಳಿದಿತ್ತು.

“ಏನ್ರೀ, ಭಟ್ರು ಬದಲಾದ್ರಾ?”

“ಇಲ್ಲ ಸಾರ್, ಅವರೇ.”

“ಹಾಗಾದ್ರೆ ನಂದೇ ಬಾಯಿ ಕೆಟ್ಟಿರ್ಬೇಕು ಬಿಡಿ,” ಎಂದು ಮೆಲ್ಲಗೆ ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅಂದು ಸಂಜೆ ಎಷ್ಟೋ ತಿಂಗಳ ಮೇಲೆ ಎಲೆಯಲ್ಲಿ ಹಲ್ವಾ ಕಟ್ಟಿಸಿಕೊಂಡು ಮನೆಗೆ ಹೋದೆ. ಹೆಂಡತಿ ಹಾಗೆ ನೋಡಿದಳು, ಹೀಗೆ ನೋಡಿದಳು, ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಅವಳ ಮುಖ ಅರಳಲಿಲ್ಲ. “ಇದ್ಯಾವ ಹೋಟ್ಲಿಂದ ತಂದ್ರಿ?” ಎಂದು ಕೇಳಿದಳು.

ಮರುದಿನ ಭಟ್ಟರಿಗೆ ಹಳೆಯ ಅಳತೆಗೇ ಹೋಗಲು ಹೇಳಿದೆ. ಚಮಚದ ತುದಿಯಷ್ಟು ಬಾಯಿಗೆ ಹಾಕಿದರೆ ಸಿಹಿ ಮುಖಕ್ಕೆ ಹೊಡೆಯಿತು. ಎರಡು ಹಿಡಿ ತೆಗೆದರೂ ಸಿಹಿ, ಎರಡು ಹಿಡಿ ಹಾಕಿದರೂ ಸಿಹಿ. ಇನ್ನಷ್ಟು ಬೇಕು ಅನ್ನಿಸುವ ಆ ಜಾಗ ನಾಲಿಗೆಯಲ್ಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಅದೇ ವಾರ ಬಂದ ರಿಪೋರ್ಟಿನಲ್ಲಿ ಎಲ್ಲ ಗಡಿಯಿಂದ ಇಳಿದಿತ್ತು. ಡಯಟೀಷಿಯನ್ ಹುಡುಗಿಗೆ ಹಲ್ವಾದ ಸಂಗತಿ ಹೇಳಿದರೆ ಅವಳು ಚಪ್ಪಾಳೆ ತಟ್ಟುವುದೊಂದು ಬಾಕಿ. ನಾಲಿಗೆ ಬದಲಾಗಲಿ ಎಂದೇ ಇಷ್ಟೆಲ್ಲ ಮಾಡಿದ್ದು ಎಂದಳು. ಅಪ್ಪ ಬಿಟ್ಟು ಹೋದದ್ದರಲ್ಲಿ ಬಾಗಿಲಿನ ಬೋರ್ಡನ್ನು ಎರಡು ಸಲ ಬದಲಿಸಿದ್ದೇನೆ, ಮೇಜು ಕುರ್ಚಿ ಬದಲಿಸಿದ್ದೇನೆ. ಅವನಿಂದ ಬಂದ ಆ ರುಚಿಯೊಂದು ನನ್ನ ಬಾಯಲ್ಲಿದೆ ಎಂದುಕೊಂಡಿದ್ದೆ.

ಹಲ್ವಾದ ಆಸೆ ಹೋಗಿದೆಯೇ ಎಂದರೆ, ಇಲ್ಲ. ಅದು ಹಾಗೇ ಇದೆ. ತುಪ್ಪ ಬಿಡುವ ವಾಸನೆ ಬಂದರೆ ಈಗಲೂ ಬಾಯಲ್ಲಿ ನೀರು ಬರುತ್ತದೆ. ಬಾಯಿಗಿಟ್ಟರೆ ಮಾತ್ರ ನಾನು ಆಸೆಪಟ್ಟದ್ದು ಅಲ್ಲಿರುವುದಿಲ್ಲ. ಇದಕ್ಕೆ ಯಾವ ಡಾಕ್ಟರ ಬಳಿಯೂ ಮದ್ದಿಲ್ಲ.

ಮೂರು ರಾತ್ರಿ ಯೋಚಿಸಿ ಹೆಂಡತಿಗೆ ಹೇಳಿದೆ. “ಬೆಳಿಗ್ಗೆ ಹೋಟ್ಲಿಗೆ ಬಂದು ಹಲ್ವಾ ನೋಡ್ತೀಯಾ?”

ಇಷ್ಟು ವರ್ಷದಲ್ಲಿ ಅವಳು ಆ ಅಡುಗೆಮನೆಯ ಒಳಗೆ ಕಾಲಿಟ್ಟವಳಲ್ಲ. ನಮ್ಮಲ್ಲಿ ಆ ರೂಢಿ ಇರಲಿಲ್ಲ. “ಭಟ್ರು ಏನಂದ್ಕೊಳ್ತಾರೋ,” ಎಂದಳು. ಬೆಳಿಗ್ಗೆ ನೋಡಿದರೆ ಸ್ನಾನ ಮಾಡಿ, ತಿಂಡಿ ಮುಗಿಸಿ, ಶಾಲು ಹೊದ್ದು ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು. ಅವಳಿಗೂ ಚಹಾ ಚಮಚದ ತುದಿಯಷ್ಟೇ, ಒಮ್ಮೊಮ್ಮೆ ಎರಡು ಸಲ. ಅದು ನನ್ನ ಕಟ್ಟಪ್ಪಣೆ.

ಭಟ್ಟರು ನೈವೇದ್ಯ ಮುಗಿಸಿ ರೂಢಿಯಂತೆ ಚಮಚವನ್ನು ನನ್ನತ್ತ ಚಾಚಿದರು. ನಾನು ಅದನ್ನು ಅವಳಿಗೆ ಕೊಟ್ಟೆ. ಅವಳು ಬಾಯಿಗೆ ಹಾಕಿಕೊಂಡು, “ಇನ್ನೂ ಒಂದೂವರೆ ಹಿಡಿ,” ಎಂದಳು. ಭಟ್ಟರು ಹಾಕಿ ಮಗುಚಿದರು. ಸಕ್ಕರೆ ಕರಗಿ, ಮತ್ತೆ ಗಟ್ಟಿಯಾಗಿ, ತುಪ್ಪ ಅಂಚು ಬಿಡುವವರೆಗೆ ಮೂವರೂ ಒಲೆಯ ಹತ್ತಿರವೇ ನಿಂತೆವು. ಅವಳು ಇನ್ನೊಮ್ಮೆ ತುದಿಯಷ್ಟು ತೆಗೆದುಕೊಂಡಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಅವಳ ಜೊತೆಗೇ ಎಂಜಲು ನುಂಗಿದೆ.

“ಹೇಗಿದೆ?”

ಅವಳು ಚಮಚ ಕೆಳಗಿಟ್ಟು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

“ನೀವು ತರ್ತಿದ್ದದ್ದೇ,” ಎಂದಳು.