ಕೂಳೆ ಜೋಳ, ಕತ್ತಲೆ ಕೋಣೆ

ನಮ್ಮ ಯಜಮಾನರು ತೀರಿಕೊಳ್ಳುವ ಹಿಂದಿನ ದಿನ ಎಲ್ಲ ದಿನಗಳಂತೆಯೇ ಇತ್ತು. ಬೆಳಿಗ್ಗೆ ಎರಡು ರೊಟ್ಟಿ ತಿಂದರು, ಚಟ್ನಿಗೆ ಉಪ್ಪು ಜಾಸ್ತಿ ಎಂದರು, ಮತ್ತೆ ಚಟ್ನಿ ಹಾಕಿಸಿಕೊಂಡರು. ಆಮೇಲೆ ಜಗಲಿಯ ಮೇಲೆ ಕೂತು ಬೀದಿಯಲ್ಲಿ ಹೋಗುವವರನ್ನೆಲ್ಲ ತಡೆದು ಮಾತಾಡಿಸಿದರು. ವಾರದ ಹಿಂದೆ ಒಂದು ಹದ ಮಳೆ ಬಿದ್ದಿತ್ತು. ಎದುರು ಮನೆಯ ಹೆಣ್ಣುಮಗಳು ಎಮ್ಮೆ ಹಿಡಿದುಕೊಂಡು ಹೊರಟಿದ್ದಳು.

"ಎಲ್ಲಿಗವ್ವ ಸವಾರಿ?"

"ಹೊಲಕ್ಕೆ ಮಾವ. ಜೋಳ ಕೊಯ್ದಿದ್ ಹೊಲ್ದಾಗೆ ಚಿಗುರು ಬಂದೈತೆ. ಒಂದ್ ಗಳಿಗೆ ಮೇಯ್ಸಾಣ ಅಂತ."

ಕೋಲೂರಿ ಎದ್ದೇಬಿಟ್ಟರು. "ಎಮ್ಮೆ ಬ್ಯಾಡಾಗೈತೇನೆ ನಿಂಗೆ? ಬ್ಯಾಡಾಗಿದ್ರೆ ನಂಗ್ ಕೊಡು, ಮೊಸರನ್ನನಾದ್ರೂ ಉಣ್ತೀನಿ. ಕೂಳೆ ಜೋಳಕ್ಕೆ ಬಿಡಬ್ಯಾಡ."

"ಹಸ್ರು ಮೇವಲ್ವ ಮಾವ ಅದು?"

"ಹಸ್ರಾಗೈತೆ ಅಂತ್ಲೇ ಹೇಳಿದ್ದು. ಮೊಣಕಾಲುದ್ದ ಇರೋವಾಗ ಅದು ವಿಷ. ನನ್ ಮಾತು ನಂಬ್ದಿದ್ರೆ ಒಳಗೆ ಒಬ್ಳವ್ಳೆ ನೋಡು, ಏಳ್ನೇ ಕ್ಲಾಸ್ ಓದಿರೋಳು, ಅವಳ್ನ ಕೇಳು."

ಒಳಗಿದ್ದವಳು ನಾನು. "ಶುರುವಾತು ಪುರಾಣ" ಎಂದು ಅಲ್ಲಿಂದಲೇ ಕೂಗಿದೆ. ಅವರು ಶುರು ಮಾಡಿಯೇಬಿಟ್ಟರು. ಎಮ್ಮೆ ಬೀದಿಯಲ್ಲಿ ನಿಂತು ಕೇಳಿಸಿಕೊಂಡಿತು. ಮರುದಿನ ಬೆಳಿಗ್ಗೆ ಕಾಫಿಗೆ ಎಬ್ಬಿಸಲು ಹೋದೆ. ಅವರು ಏಳಲಿಲ್ಲ.

ಐವತ್ತು ವರ್ಷ ಆ ಕತೆಯನ್ನು ಅವರೇ ಹೇಳಿದರು. ಹೇಳಿದಷ್ಟೂ ಅದು ಬೆಳೆಯುತ್ತಿತ್ತು. ಮೊದಲು ಸೈಕಲ್ಲಿನಲ್ಲಿ ಬಂದ ಡಾಕ್ಟರು ಕೊನೆಕೊನೆಗೆ ಜೀಪಿನಲ್ಲಿ ಬರುತ್ತಿದ್ದರು. ಈಗ ಹೇಳುವವರಿಲ್ಲ. ತಪ್ಪು ನನ್ನದೇ ಆದ್ದರಿಂದ ನಾನೇ ಬರೆದಿಡುತ್ತೇನೆ.

ನಾನು ಹಿರಿಯೂರಿನ ಕಡೆ, ನಾಲೆ ಕೆಳಗಿನ ಊರಿನವಳು. ನಮ್ಮಲ್ಲಿ ಗದ್ದೆ. ಭತ್ತ ಕೊಯ್ದ ಮೇಲೆ ಕೂಳೆ ಚಿಗುರಿದರೆ ದನ ಬಿಡುತ್ತಿದ್ದೆವು, ಏನೂ ಆಗುತ್ತಿರಲಿಲ್ಲ. ಮದುವೆಯಾಗಿ ಬಂದದ್ದು ಹೊಸದುರ್ಗ ತಾಲ್ಲೂಕಿನ ಈ ಊರಿಗೆ. ಇಲ್ಲಿ ಮಳೆ ನಂಬಿದ ಹೊಲ, ಜೋಳ, ರಾಗಿ. ನನ್ನ ಹಿಂದೆಯೇ ತವರಿನಿಂದ ಒಂದು ಕೆಂದು ಹಸುವನ್ನೂ ಕಳಿಸಿದ್ದರು. ಅದು ಚೊಚ್ಚಲ ಗಬ್ಬ, ಇನ್ನೂ ಒಂದು ತಿಂಗಳಷ್ಟೇ ಆಗಿತ್ತು. ಹೊಸ ಮನೆಯಲ್ಲಿ ನನ್ನನ್ನು ಮೊದಲಿನಿಂದ ಬಲ್ಲ ಜೀವ ಅದೊಂದೇ. ಬೇರೆ ಯಾರು ಹುಲ್ಲು ಹಾಕಿದರೂ ಮೂಗು ತಿರುವುತ್ತಿತ್ತು. "ತವರ್ಮನೆ ಕೊಬ್ಬು ಇಬ್ರಿಗೂ ಒಂದೇ" ಎನ್ನುತ್ತಿದ್ದರು ಇವರು.

ನಮ್ಮ ಮದುವೆಯಲ್ಲಿ ಫೋಟೊ ತೆಗೆಸಿರಲಿಲ್ಲ. ಊರಿನ ದನದ ಆಸ್ಪತ್ರೆಯ ಪಕ್ಕದಲ್ಲಿ ಒಂದು ಸ್ಟುಡಿಯೊ ಆಯಿತು. ಇವರಿಗೆ ಆಸೆ ಹುಟ್ಟಿತು. ಅದಕ್ಕಾಗಿ ಆರು ತಿಂಗಳು ಮೀಸೆ ಬಿಟ್ಟರು. ಆ ಮೀಸೆಗೆ ನನಗಿಂತ ಹೆಚ್ಚು ಹರಳೆಣ್ಣೆ ಖರ್ಚಾಯಿತು. ಯಾರದೋ ಕೈಗಡಿಯಾರ ಎರವಲು ತಂದರು. ಅದು ನಡೆಯುತ್ತಿರಲಿಲ್ಲ. "ಫೋಟೊದಾಗೆ ನಡೀತೈತೋ ನಿಂತೈತೋ ಯಾರಿಗ್ ಕಾಣುತ್ತೆ?" ಎಂದರು.

ಸ್ಟುಡಿಯೊದವನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಇವರನ್ನು ಕುರ್ಚಿಯಲ್ಲಿ ಕೂರಿಸಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿದ.

"ಮೀಸೆಯೋರೇ, ಅಲ್ಲಾಡಬ್ಯಾಡ್ರಿ."

"ನಾನಲ್ಲ, ಮೀಸೆ ಅಲ್ಲಾಡ್ತೈತೆ."

ನನಗೆ ನಗು ಬಂತು. ಅವರೂ ನಕ್ಕರು. ಅದೇ ಹೊತ್ತಿಗೆ ಅವನು ಒತ್ತಿಬಿಟ್ಟ. "ನಗೋ ಫೋಟೊ ಬಂತು, ನಂಗೊತ್ತಿಲ್ಲ. ಇರೋದು ಒಂದೇ ಫಿಲ್ಮು. ಮಧ್ಯಾಹ್ನ ತೊಳೀತೀನಿ" ಎಂದ.

ಮನೆಗೆ ಬರುವಷ್ಟರಲ್ಲಿ ಹಸು ಹಸಿದು ಕೂಗುತ್ತಿತ್ತು. ಸಿಂಗಾರದ ಗದ್ದಲದಲ್ಲಿ ಬೆಳಿಗ್ಗೆಯಿಂದ ಅದಕ್ಕೆ ಏನೂ ಹಾಕಿರಲಿಲ್ಲ. ಇವರು ಅಂಗಿ ಬದಲಿಸಿ ಕುಂಟೆ ಹೊಡೆಯಲು ಮುಂದೆ ಹೋದರು. ನಾನು ಹಸುವನ್ನು ಹಿಡಿದು ಹಿಂದೆ ಹೋದೆ. ನಮ್ಮ ಹೊಲ ಆಸ್ಪತ್ರೆಯ ಬೀದಿಯ ಹಿಂಭಾಗಕ್ಕೇ ಇತ್ತು. ಜೋಳ ಕೊಯ್ದ ತುಂಡಿನಲ್ಲಿ, ಒಣಗಿ ನಿಂತಿದ್ದ ದಂಟುಗಳ ಬುಡದಿಂದ, ಮಳೆ ಬಿದ್ದ ಮೇಲೆ ಎಳೆ ಚಿಗುರು ಎದ್ದಿತ್ತು. ಎಷ್ಟು ಚೆಂದದ ಹಸಿರು! ಬೇಸಿಗೆಯಲ್ಲಿ ಇಂಥ ಮೇವನ್ನು ಈ ಜನ ಸುಮ್ಮನೆ ಬಿಟ್ಟಿದ್ದಾರಲ್ಲ ಎಂದುಕೊಂಡು ನನ್ನ ತವರಿನ ಹಸುವಿಗೆ ಹಬ್ಬ ಮಾಡಿಸಿದೆ. ಅದು ತಲೆ ಎತ್ತದೆ ಮೇಯಿತು.

ಕಾಲು ಗಂಟೆ ಆಗಿರಬಹುದು. ತಲೆ ಎತ್ತಿ ಏದುಸಿರು ಬಿಡತೊಡಗಿತು. ಬಾಯಲ್ಲಿ ನೊರೆ. ಮೈಯೆಲ್ಲ ಅದುರಿತು. ನಾಲ್ಕು ಹೆಜ್ಜೆ ತೂರಾಡಿಕೊಂಡು ಹೋಗಿ ಧೊಪ್ಪನೆ ಬಿತ್ತು. ನಾನು ಕಿರುಚಿದೆ. ಇವರು ಕುಂಟೆ ಬಿಟ್ಟು ಓಡಿಬಂದು ಕೂಳೆ ನೋಡಿದರು, ನನ್ನನ್ನು ನೋಡಿದರು. "ಇದಕ್ಕಾ ಬಿಟ್ಟೆ?" ಎಂದವರೇ ಆಸ್ಪತ್ರೆಗೆ ಓಡಿದರು.

ಪಕ್ಕದ ಹೊಲದವರು ಬಂದು ಸುತ್ತ ನಿಂತರು. ಹಾವು ಕಚ್ಚಿದೆ ಎಂದು ಅವರೆಲ್ಲ ತೀರ್ಮಾನಿಸುವುದಕ್ಕೂ ಡಾಕ್ಟರು ಬರುವುದಕ್ಕೂ ಸರಿಹೋಯಿತು. ಅವರು ಸೈಕಲ್ ಕೆಡವಿ, ಹಸುವಿನ ತುಟಿ ಬಿಡಿಸಿ ವಸಡು ತೋರಿಸಿದರು. ಕುಂಕುಮದ ಹಾಗೆ ಕೆಂಪಗಿತ್ತು.

"ಹಾವಲ್ಲ. ನೋಡ್ರಿ, ರಕ್ತದಲ್ಲಿ ಉಸಿರು ಬೇಕಾದಷ್ಟಿದೆ, ಮೈಗೆ ಅದನ್ನ ಬಳಸೋಕಾಗ್ತಿಲ್ಲ. ಎಳೇ ಜೋಳದಲ್ಲಿ ಸೈನೈಡ್ ಇರುತ್ತೆ. ಅದರ ಕೆಲಸ ಇದು."

ಹೇಳುತ್ತಲೇ ಕುತ್ತಿಗೆಯ ನರಕ್ಕೆ ಸೂಜಿ ಏರಿಸಿದರು. ಔಷಧಿಯನ್ನು ನಿಧಾನವಾಗಿ ಒಳಕ್ಕೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಉಸಿರಿನ ಅಬ್ಬರ ತಗ್ಗಿತು. ನಾನು ಕೈ ಮುಗಿದೆ.

"ಈಗಲೇ ಮುಗೀಬೇಡಮ್ಮ. ಹೊಟ್ಟೆಯಲ್ಲಿರೋ ಸೊಪ್ಪು ಇನ್ನೂ ವಿಷ ಬಿಡ್ತಾನೇ ಇರುತ್ತೆ. ಹೊಟ್ಟೆಗೂ ಹೈಪೋ ಅನ್ನೋ ಮದ್ದು ಹಾಕ್ಬೇಕು, ಇಲ್ಲದಿದ್ರೆ ಮತ್ತೆ ಬೀಳುತ್ತೆ. ಬೆಳಿಗ್ಗೆ ಪಕ್ಕದ ಹಟ್ಟೀಲಿ ಎರಡು ದನ ಇದನ್ನೇ ತಿಂದಿದ್ವು. ಸೂಜಿಗಾಗೋಷ್ಟು ಬಿಟ್ರೆ ಇದ್ದದ್ದೆಲ್ಲ ಅಲ್ಲೇ ಖರ್ಚಾಯ್ತು. ಸ್ಟುಡಿಯೊದವನ ಹತ್ರ ಇರುತ್ತೆ, ಫೋಟೊ ತೊಳೆಯೋಕೆ ಬಳಸೋದೂ ಅದೇ. ಬರೀ ಹೈಪೋ ಹರಳು, ಏನೂ ಬೆರೆಸಿರಬಾರದು. ಯಾರು ಓಡ್ತೀರಿ?"

ಇವರು ಹಸುವಿನ ತಲೆ ಎತ್ತಿ ಹಿಡಿದಿದ್ದರು. ಯಾರಾದರೂ ಬಾಯಿ ತೆರೆಯುವ ಮೊದಲೇ ನಾನು ಓಡಿದ್ದೆ. ಫೋಟೊಕ್ಕೆಂದು ಉಟ್ಟ ರೇಷ್ಮೆ ಸೀರೆಯನ್ನು ಇನ್ನೂ ಬಿಚ್ಚಿರಲಿಲ್ಲ. ಅದನ್ನು ಮೊಣಕಾಲಿಗೆ ಎತ್ತಿ ಹಿಡಿದು ಓಡಿದ ಸೊಸೆಯನ್ನು ಆ ಬೀದಿ ಅದೇ ಮೊದಲು ನೋಡಿದ್ದು.

ಸ್ಟುಡಿಯೊದಲ್ಲಿ ಯಾರೂ ಇರಲಿಲ್ಲ. ಒಳಗೊಂದು ಬಾಗಿಲು, ಮುಚ್ಚಿತ್ತು. ದಬ್ಬಿದೆ. ಅದರ ಹಿಂದೆ ಕರಿ ಪರದೆ. ಅದನ್ನೂ ಎಳೆದೆ. ಬಿಸಿಲು ನನ್ನ ಹಿಂದೆಯೇ ಒಳಗೆ ನುಗ್ಗಿತು.

"ಬಾಗ್ಲು! ಬಾಗ್ಲು! ಯಾವಳೇ ಅವ್ಳು, ಮನೆಹಾಳಿ!"

"ಅಣ್ಣ, ಹೈಪೋ ಕೊಡು. ಬರೀ ಹೈಪೋ. ಹಸ ಸಾಯ್ತೈತೆ."

ಅವನು ಬೈಯುತ್ತಲೇ ಕೈ ಒರೆಸಿಕೊಂಡ, ಬೈಯುತ್ತಲೇ ಡಬ್ಬ ತೆಗೆದ, ಬೈಯುತ್ತಲೇ ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟ. ನಾನು ಹೊಸ್ತಿಲು ದಾಟುವಾಗ ಅವನ ದನಿ ಇಳಿಯಿತು. "ತಟ್ಟೇಲಿದ್ದಿದ್ದು ನಿಮ್ದೇ ಕಣವ್ವ" ಎಂದ. ಆಗ ನನಗೆ ಅದು ಅರ್ಥವಾಗಲಿಲ್ಲ.

ಹರಳುಗಳು ಥೇಟ್ ಕಲ್ಲುಸಕ್ಕರೆ. ಡಾಕ್ಟರು ಅಳತೆ ನೋಡಿ ಹಾಕಿದರು, ನಾನು ತಂಬಿಗೆಯ ನೀರಿನಲ್ಲಿ ಕದಡಿದೆ. ಆ ಬಿಸಿಲಿನಲ್ಲೂ ತಂಬಿಗೆ ಕೈಯಲ್ಲಿ ತಣ್ಣಗಾಯಿತು, ಬಾವಿಯಿಂದ ಆಗ ತಾನೇ ಸೇದಿದ ಹಾಗೆ. ಬಾಯಿಗೆ ಹೊಯ್ದರೆ ಶ್ವಾಸಕ್ಕೆ ಹೋದೀತೆಂದು ಅವರು ಹೊಟ್ಟೆಯವರೆಗೆ ರಬ್ಬರ್ ಕೊಳವೆ ಇಳಿಸಿ ಅದರಲ್ಲಿ ಬಿಟ್ಟರು. ಆಮೇಲೆ ಕಾಯುವ ಕೆಲಸ. ಇವರು ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹೊತ್ತು ಹೋಗುತ್ತಾ ಹಸು ಕಿವಿ ಅಲ್ಲಾಡಿಸಿತು. ಎದೆಯ ಮೇಲೆ ನೆಟ್ಟಗೆ ಕೂತಿತು. ಕೊನೆಗೆ ಮುಂಗಾಲು ಮಡಚಿ, ಹಿಂಭಾಗ ಎತ್ತಿ, ಒಂದು ಸಲ ಜೋಲಿ ಹೊಡೆದು ನಿಂತಿತು. ನಿಂತದ್ದೇ ಮತ್ತೆ ಆ ಚಿಗುರಿನ ಕಡೆ ಮೂತಿ ತಿರುಗಿಸಿತು. "ಹಿಡೀರಿ ಅದನ್ನ!" ಎಂದು ಡಾಕ್ಟರು ಕೂಗಿದರು. ನೆರೆದವರೆಲ್ಲ ನಕ್ಕುಬಿಟ್ಟರು. ನಾನು ಮಾತ್ರ ಅತ್ತೆ.

ಹೊರಡುವಾಗ ಡಾಕ್ಟರು ನನ್ನನ್ನೇ ಕರೆದು ಹೇಳಿದರು: "ಬರದಲ್ಲಿ ಬಾಡಿ, ಆಮೇಲೆ ಮಳೆಗೆ ಚಿಗುರಿದ ಜೋಳಕ್ಕೆ ಬಿಡಬೇಡಮ್ಮ, ಅದರಲ್ಲೂ ಹಸಿದ ದನನ. ಹೂ ತೆನೆ ಬಂದ ಮೇಲೆ ವಿಷ ಇಳಿಯುತ್ತೆ. ಕೊಯ್ದು ಚೆನ್ನಾಗಿ ಒಣಗಿಸಿ ಹಾಕಿದ್ರೆ ಇನ್ನೂ ಒಳ್ಳೇದು." ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಸಂಜೆ ಸ್ಟುಡಿಯೊದವನು ತಾನೇ ಮನೆಗೆ ಬಂದ. ಹಸುವನ್ನು ನೋಡಿದ, ಮಜ್ಜಿಗೆ ಕುಡಿದ, ಜೇಬಿನಿಂದ ನಮ್ಮ ಫಿಲ್ಮು ತೆಗೆದುಕೊಟ್ಟ. ಪೂರ್ತಿ ಕಪ್ಪು. ತೊಳೆಯುವಾಗ ನಾನು ಒಳಗೆ ಬಿಟ್ಟ ಬಿಸಿಲು ಅದನ್ನು ಕೆಡಿಸಿತ್ತು. ಇವರು ಅದನ್ನು ದೀಪಕ್ಕೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು.

"ಚೆನ್ನಾಗೇ ಬಂದೈತಲ್ಲೋ. ಅಮಾಸೇಲಿ ತೆಗ್ಸಿದಂಗೈತೆ."

"ಮೀಸೆ ಹಂಗೇ ಇಟ್ಕಂಡಿರು. ಹೊಸ ಫಿಲ್ಮು ಬಂದ್ಮೇಲೆ ಪುಗಸಟ್ಟೆ ತೆಗೀತೀನಿ" ಎಂದ ಅವನು.

ಹೊಸ ಫಿಲ್ಮು ಬರುವಷ್ಟರಲ್ಲಿ ಇವರ ಅಪ್ಪ ತೀರಿಕೊಂಡರು. ಕರ್ಮಕ್ಕೆ ಕೂತಾಗ ಮೀಸೆ ಹೋಯಿತು. ಮತ್ತೆ ಬಿಡಲು ಇವರಿಗೆ ಮನಸ್ಸಾಗಲಿಲ್ಲ. ಸ್ಟುಡಿಯೊದವನು ಅಂಗಡಿಯನ್ನು ಹೊಳಲ್ಕೆರೆಗೆ ಬದಲಾಯಿಸಿದ. ಹಸು ಹೆಣ್ಣು ಕರು ಹಾಕಿತು, ಅದರ ಪೀಳಿಗೆಯ ಒಂದು ಹಸು ಈಗಲೂ ಕೊಟ್ಟಿಗೆಯಲ್ಲಿದೆ.

ಅಂದಿನಿಂದ ಇವರಿಗೆ ಗಿಡದ ಹುಚ್ಚು ಹಿಡಿಯಿತು. ಜೋಗಿಮಟ್ಟಿ ಕಡೆಯಿಂದ ಕುರಿ ಹೊಡೆದುಕೊಂಡು ಬರುವವರನ್ನು ಕೂರಿಸಿಕೊಂಡು, ಯಾವುದು ತಿಂದರೆ ಏನಾಗುತ್ತದೆ ಎಂದು ಕೇಳುತ್ತಿದ್ದರು. ಲಂಟಾನ ಮೇದ ದನ ಆಗಿಂದಾಗ್ಗೆ ಬೀಳುವುದಿಲ್ಲ, ನಾಲ್ಕು ದಿನಕ್ಕೆ ಕಣ್ಣು ಹಳದಿಯಾಗಿ ಬಿಸಿಲು ಕಂಡರೆ ನೆರಳಿಗೆ ಓಡುತ್ತದೆ, ಮೂತಿಯ ಚರ್ಮ ಸುಲಿಯುತ್ತದೆ. ಕಣಗಿಲೆ ಬೇಲಿ ಸವರಿದ ಸೊಪ್ಪನ್ನು ದನದ ದಾರಿಯಲ್ಲಿ ಎಸೆಯಬಾರದು, ಅದು ಎದೆಬಡಿತವನ್ನೇ ನಿಲ್ಲಿಸುತ್ತದೆ. ಹರಳಿನ ಬೀಜ ಒಣಗಿಸಿದ ಕಣಕ್ಕೆ ದನ ಬಿಡಬಾರದು. ಬೀದಿಗೆಲ್ಲ ಪಾಠ. ಪ್ರತಿ ಪಾಠದ ಕೊನೆಗೂ ನನ್ನ ಓಟ, ರೇಷ್ಮೆ ಸೀರೆ, ಬಾಗಿಲು. "ಹಸ ಉಳಿಸ್ದೋಳೂ ಇವ್ಳೇ, ಬೀಳಿಸ್ದೋಳೂ ಇವ್ಳೇ, ನನ್ ಮೀಸೆ ನುಂಗ್ದೋಳೂ ಇವ್ಳೇ."

ಆ ಕಪ್ಪು ಫಿಲ್ಮನ್ನು ಅವರು ಎಸೆಯಲಿಲ್ಲ. ಮನೆಗೆ ಬಂದವರಿಗೆ ತೋರಿಸಿ "ಮದ್ವೆ ಹೊಸ್ತರಾಗೆ ತೆಗ್ಸಿದ್ದು" ಎನ್ನುತ್ತಿದ್ದರು. ಬಂದವರು ಕನ್ನಡಕ ಏರಿಸಿ ಹುಡುಕುತ್ತಿದ್ದರು.

ಹನ್ನೊಂದನೆಯ ದಿನಕ್ಕೆ ಹಾರ ಹಾಕಲು ಮಗಳು ಫೋಟೊ ಕೇಳಿದಳು. ವೋಟಿನ ಕಾರ್ಡಿನದು ಇತ್ತು. ಮೊಮ್ಮಗನ ಫೋನಿನಲ್ಲಿ ಬೇಕಾದಷ್ಟಿದ್ದವು, ಎಲ್ಲದರಲ್ಲೂ ಬೋಳು ತಲೆ, ಬೋಳು ಮುಖ. ಅವುಗಳಲ್ಲೇ ಒಂದಕ್ಕೆ ಕಟ್ಟು ಹಾಕಿಸಿದೆವು. "ಅಜ್ಜಂಗೆ ನಿಜವಾಗ್ಲೂ ಮೀಸೆ ಇತ್ತಾ?" ಎಂದು ಮೊಮ್ಮಗ ಕೇಳಿದ. ಇತ್ತು ಎಂದೆ. ಅದರ ತುದಿ ಹೇಗೆ ತಿರುಗಿತ್ತು, ನಗುವಾಗ ಯಾವ ಕಡೆ ಹೆಚ್ಚು ಏಳುತ್ತಿತ್ತು ಎಂದು ಹೇಳಲು ಹೋಗಿ, ನನಗೇ ಸರಿಯಾಗಿ ನೆನಪಾಗಲಿಲ್ಲ.

ಎದುರು ಮನೆಯವಳು ಎಮ್ಮೆಯನ್ನು ಕೂಳೆಗೆ ಬಿಡಲಿಲ್ಲ. ಕಪ್ಪು ಫಿಲ್ಮು ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗಿದೆ. ಮೀಸೆ ಇದ್ದ ಆ ಮುಖ ಎಲ್ಲಿಯೂ ಇಲ್ಲ.